ನಾಲ್ಕನೇ ಸಾಲು

ನಮ್ಮ ಬ್ಯಾಚಿನವ್ರಿಗೆ ಡಿಜಿಟಲ್ ಎಲೆಕ್ಟ್ರಾನಿಕ್ಸ್ ಅಂದ್ರ ಮೊದ್ಲು ನೆನಪಾಗೋದು ವೈಟ್ನರ್. ನಮ್ಮ ಮೇಡಂ ಇಂಟರ್ನಲ್ ಟೆಸ್ಟಿಗೆ "ನ್ಯಾಂಡ್ ಗೇಟ್ ಬಳಸಿ ಎಕ್ಸಾರ್ ಬರೀರಿ" ಅಂತ ಸೀದಾ ಕೇಳ್ತಿರ್ಲಿಲ್ಲ, ಪೂರ್ತಿ ಸರ್ಕ್ಯೂಟ್ ಕೈಲೆ ಬರದು, ಅದ್ರಾಗ ಒಂದ ವೈರ್ ಮ್ಯಾಲ ವೈಟ್ನರ್ ಹಚ್ಚಿ, ಅದನ್ನ ಝೆರಾಕ್ಸ್ ಮಾಡ್ಸಿ ಹಂಚ್ತಿದ್ರು. ಬಾಜೂಕ್ಕ ಯಾವ ಇನ್‌ಪುಟ್‌ಗೆ ಏನು ಔಟ್‌ಪುಟ್ ಅಂತ ಹೇಳೋ ಟ್ರುಥ್ ಟೇಬಲ್ ಇರ್ತಿತ್ತು, ಬಿಟ್ಟ ವೈರ್ ಎಲ್ಲಿಂದ ಬರ್ಬೇಕು ಹೇಳ್ರಿ, ಯಾಕ ಅಂತ ತೋರಿಸ್ರಿ, ಐದು ಮಾರ್ಕ್ಸ್. ವೈಟ್ನರ್ ಅಂಚು ಝೆರಾಕ್ಸಿನಾಗ ತೆಳ್ಳಗ ಬೂದಿ ಗೆರಿ ಹಂಗ ಬೀಳ್ತಿತ್ತು, ಹಿಂದಿನ ಬೆಂಚಿನವ್ರು ಪೇಪರ್ ಕಿಟಕಿಗೆ ಹಿಡದು ಆ ಗೆರಿ ಎಲ್ಲಿಗಿ ಹೊಕ್ಕೈತಿ ಅಂತ ನೋಡ್ತಿದ್ರು. ಮೇಡಂಗೆ ಇದು ಎರಡನೇ ಟೆಸ್ಟಿಗೇ ಗೊತ್ತಾತು. ಮೂರನೇ ಟೆಸ್ಟಿಗೆ ಅವ್ರು ಬೇಕಂತ್ಲೇ ಏನೂ ಇಲ್ಲದ ಜಾಗಕ್ಕೂ ವೈಟ್ನರ್ ಬಳದಿದ್ರು.

ನಾನು ಕನ್ನಡ ಮೀಡಿಯಂದಾಗ ಎಸ್ಸೆಸ್ಸೆಲ್ಸಿ ಮುಗಿಸಿ ಬಂದವ. ಇಂಗ್ಲಿಷಿನಾಗ ಥಿಯರಿ ಬರಿಯೋದು ನನಗ ಆಗ್ತಿರ್ಲಿಲ್ಲ, ಟ್ರುಥ್ ಟೇಬಲ್ ಮಾತ್ರ ಆಗ್ತಿತ್ತು, ಯಾಕಂದ್ರ ಅದ್ರಾಗ ಇರೋದು ಸೊನ್ನಿ ಮತ್ತ ಒಂದು ಅಷ್ಟ. ಅದಕ್ಕ ಎಲ್ಲಾ ಗೇಟಿನ ಟೇಬಲ್ ಮಗ್ಗಿ ಹಂಗ ಬಾಯಿಪಾಠ ಮಾಡಿದ್ದೆ. ಆದ್ರ ಈ ಪ್ರಶ್ನಿಗೆ ಬಾಯಿಪಾಠ ಕೆಲಸಕ್ಕ ಬರಂಗಿಲ್ಲ ಅನ್ನೋದು ಮೊದಲ ಟೆಸ್ಟಿನ್ಯಾಗ ಐದಕ್ಕ ಒಂದು ಬಂದಾಗ ತಿಳೀತು.

ಆ ಪ್ರಶ್ನಿ ಇವತ್ತಿಗೂ ನೆನಪೈತಿ. ನಾಲ್ಕು ನ್ಯಾಂಡ್ ಗೇಟು. G1 ಗೆ A, B ಎರಡೂ ಹೋಗ್ತಾವ. G2 ಗೆ A ಮತ್ತ G1 ಔಟ್‌ಪುಟ್. G3 ಗೆ ಒಂದು ಕಾಲು B, ಇನ್ನೊಂದು ಕಾಲಿಗೆ ವೈಟ್ನರ್. G2, G3 ಎರಡೂ ಸೇರಿ G4 ಗೆ, ಅದರ ಔಟ್‌ಪುಟ್ Y. ಟೇಬಲ್‌ನಾಗ Y ಮ್ಯಾಲಿಂದ ಕೆಳಗ 0, 1, 1, 0, ಅಂದ್ರ A, B ಬ್ಯಾರೆ ಬ್ಯಾರೆ ಇದ್ರ ಮಾತ್ರ 1 ಕೊಡೋ ಎಕ್ಸಾರ್. ನಾನು ಏನ್ ಮಾಡಿದ್ದೆ ಅಂದ್ರ, A ಹಾಕಿ ನೋಡ್ದೆ, ಬರ್ಲಿಲ್ಲ, G2 ಹಾಕಿ ನೋಡ್ದೆ, ಬರ್ಲಿಲ್ಲ, ಅಷ್ಟೊತ್ತಿಗೆ ಬೆಲ್ ಹೊಡೀತು, ಏನೋ ಒಂದು ಗೆರಿ ಎಳದು ಕೊಟ್ಟು ಬಂದೆ.

ಮರುದಿನ ಮೇಡಂ ಬೋರ್ಡಿನ ಮ್ಯಾಲ ಅದನ್ನ ಉಲ್ಟಾ ಬಿಡಿಸಿದ್ರು. "ಇನ್‌ಪುಟ್‌ನಿಂದ ಮುಂದಕ್ಕ ಬರೂದು ಬಿಡ್ರಿ, ಔಟ್‌ಪುಟ್ ಗೊತ್ತೈತಲ್ಲ, ಅಲ್ಲಿಂದ ಹಿಂದಕ್ಕ ನಡ್ಕೋತ ಹೋಗ್ರಿ" ಅಂದ್ರು. ನ್ಯಾಂಡ್‌ಗೆ ಇರೋದು ಒಂದ ಚಾಳಿ, ಎರಡೂ ಕಾಲು 1 ಇದ್ರ ಮಾತ್ರ 0 ಕೊಡ್ತದ, ಉಳಿದಿದ್ದಕ್ಕೆಲ್ಲಾ 1. ಹಂಗಾದ್ರ Y ಸೊನ್ನಿ ಇರೋ ಸಾಲಿನ್ಯಾಗ G2, G3 ಎರಡೂ 1 ಇರ್ಲೇಬೇಕು, ಅಲ್ಲಿ ಚೌಕಾಶಿ ಇಲ್ಲ. Y ಒಂದಿರೋ ಸಾಲಿನ್ಯಾಗ ಎರಡ್ರಾಗ ಒಂದಾದ್ರೂ 0 ಇರ್ಬೇಕು. G1, G2 ನಮಗ ಗೊತ್ತಿರೋವು, ಅವನ್ನ ತುಂಬಿ, G3 ಏನಾಗ್ಬೇಕು ಅಂತ ಕೊನೇ ಕಾಲಮ್ ಹಾಕಿದ್ರು:

```
A B | G1 G2 | Y | G3
0 0 |  1  1 | 0 | 1
0 1 |  1  1 | 1 | 0
1 0 |  1  0 | 1 | X
1 1 |  0  1 | 0 | 1
```

ಮೂರನೇ ಸಾಲಿನ X ನೋಡಿ ನಾವೆಲ್ಲಾ ತಪ್ಪ್ ಬರದಾರ ಅನ್ಕೊಂಡ್ವಿ. ಅಲ್ಲಿ G2 ಆಗ್ಲೇ 0 ಐತಿ, ಅದೊಂದ ಸಾಕು Y ನ 1 ಮಾಡಾಕ, G3 ಏನರ ಇರ್ಲಿ ನಡೀತದ, ಅದಕ್ಕ X.

ಈಗ ಇನ್ನೊಂದ ಹೆಜ್ಜಿ ಹಿಂದಕ್ಕ. G3 ಯ ಒಂದು ಕಾಲು B. B ಸೊನ್ನಿ ಇರೋ ಸಾಲಿನ್ಯಾಗ, ಅಂದ್ರ ಒಂದನೇದು, ಮೂರನೇದು, ಬಿಟ್ಟ ವೈರಿನ್ಯಾಗ ಏನಿದ್ರೂ G3 ಒಂದೇ ಕೊಡ್ತದ. ಉಳಿದ್ವು ಎರಡ ಸಾಲು. ಎರಡನೇದ್ರಾಗ G3 ಸೊನ್ನಿ ಆಗ್ಬೇಕು, B ಆಗ್ಲೇ 1, ಹಂಗಾಗಿ ವೈರ್ 1. ನಾಲ್ಕನೇದ್ರಾಗ G3 ಒಂದಾಗ್ಬೇಕು, B ಮತ್ತ 1, ಹಂಗಾಗಿ ವೈರ್ 0. ನಾಲ್ಕು ಸಾಲಿನ ಪ್ರಶ್ನಿ ಎರಡ ಸಾಲಿಗೆ ಇಳೀತು ನೋಡ್ರಿ! 01 ಕ್ಕ 1, 11 ಕ್ಕ 0 ಕೊಡೋ ವೈರ್ ಯಾವ್ದು? G1 ಕೊಡ್ತದ. ಮುಗೀತು.

ಅಲ್ಲ, ಮುಗೀಲಿಲ್ಲ. ಬಾದಾಮಿಯಿಂದ ದಿನಾ ಬಸ್ಸಿಗೆ ಬರ್ತಿದ್ದ ನನ್ನ ಲ್ಯಾಬ್ ಪಾರ್ಟ್ನರ್ ಎದ್ದು ನಿಂತು "ಮೇಡಂ, A ಬಾರ್ ಹಾಕಿದ್ರೂ ಬರ್ತೈತ್ರಿ" ಅಂದ. ಖರೇನ. A ಯ ಉಲ್ಟಾನೂ 01 ಕ್ಕ 1, 11 ಕ್ಕ 0. ಅವನ ಪೇಪರಿಗೆ ಮೇಡಂ ಸೊನ್ನಿ ಹಾಕಿದ್ರು. ಸ್ವಲ್ಪ ಹೊತ್ತು ಬೋರ್ಡ್ ನೋಡ್ಕೋತ ನಿಂತ್ರು, ಆಮ್ಯಾಲ ಅವನ ಪೇಪರ್ ಇಸ್ಕೊಂಡು ನಾಲ್ಕು ಮಾರ್ಕ್ಸ್ ಹಾಕಿ ಕೊಟ್ರು. ಒಂದು ಯಾಕ ಕಟ್ ಅಂದ್ರ, A ಬಾರ್ ಬೇಕಂದ್ರ ಇನ್ನೊಂದು ಗೇಟ್ ಬೇಕು, 7400 ಐಸಿ ಒಳಗ ಇರೋದು ನಾಲ್ಕ ಗೇಟು, ಐದನೇದಕ್ಕ ಇನ್ನೊಂದು ಐಸಿ ತರ್ಬೇಕು, ಚಿತ್ರದಾಗ ಇಲ್ಲದ್ದನ್ನ ನೀ ತಂದಿ ಅಂದ್ರು. ನನಗ ಅವತ್ತು ಐದಕ್ಕ ಐದು ಕೊಡ್ಬೇಕಿತ್ತು ಅನಿಸ್ತು, ಈಗ ಪ್ಯಾನೆಲ್ ಕೆಲಸ ಮಾಡೋವಾಗ ಮೇಡಂ ಲೆಕ್ಕಾನೇ ಸರಿ ಅನಿಸ್ತದ.

ಇದನ್ನ ಮನ್ಯಾಗ ಹೇಳ್ದಾಗ ನಮ್ಮಪ್ಪ ನಕ್ಕ. ಅಪ್ಪ ವೈರ್‌ಮನ್. ಹಿನ್ನೀರಿಗೆ ಹಳೇ ಊರು ಮುಳುಗಿ ನವನಗರದಾಗ ಮನಿ ಏಳಾಕತ್ತಾಗ ಅಲ್ಲಿ ಎಷ್ಟೋ ಮನಿಗೆ ವೈರಿಂಗ್ ಮಾಡಿದವ, ಓದಿದ್ದು ಏಳನೇತ್ತೆ. ನಾನು ಎಕ್ಸಾರ್ ಟೇಬಲ್ ತೋರಿಸಿದೆ, ಎರಡೂ ಒಂದ ನಮೂನಿ ಇದ್ರ 0, ಬ್ಯಾರೆ ಬ್ಯಾರೆ ಇದ್ರ 1. "ತಮ್ಮಾ, ಇದು ಮೆಟ್ಟಿಲದ ದೀಪ ಅಲ್ಲೇನೋ?" ಅಂದ. ಕೆಳಗೊಂದು ಟೂ ವೇ ಸ್ವಿಚ್ಚು, ಮ್ಯಾಲೊಂದು, ಎಲ್ಲಿಂದ ಒತ್ತಿದ್ರೂ ದೀಪ ಬದಲಾಗ್ಬೇಕು. ನಾನು ಹೌದಲ್ಲ ಅಂದೆ. ಅದ್ರ ಮ್ಯಾಲ ಅವನ ಒಂದು ಹೇಳ್ದ, ಎರಡು ಸ್ವಿಚ್ಚಿನ ನಡುವಿನ ಎರಡು ವೈರ್ ಒಂದು ಕಡಿ ಅದ್ಲುಬದ್ಲು ಆದ್ರ ದೀಪ ಉಲ್ಟಾ ಹತ್ತಾಕ ಚಾಲೂ ಆಗ್ತದ, ಎರಡೂ ಕೆಳಗಿದ್ದಾಗ ಆರಿರ್ಬೇಕಾದ್ದು ಹತ್ತಿರ್ತದ, ಆದ್ರ ಮನಿಯವ್ರಿಗೆ ಅದು ಗೊತ್ತೂ ಆಗಂಗಿಲ್ಲ ಅಂತ. ಅದು ಎಕ್ಸಾರ್‌ನ ಉಲ್ಟಾ, ಎಕ್ಸ್‌ನಾರ್ ಅಂತ ನನಗ ಆಮ್ಯಾಲ ಹೊಳೀತು. ಮೇಡಂಗೆ ಹೇಳಿದ್ದಕ್ಕ, 1937ರಾಗ ಕ್ಲಾಡ್ ಶಾನನ್ ಅನ್ನೋ ಹುಡುಗ ಎಂಐಟಿಯೊಳಗ ತನ್ನ ಥೀಸಿಸ್ ಬರದಿದ್ದೂ ಇಂಥ ಸ್ವಿಚ್ಚು ರಿಲೇ ಮ್ಯಾಲೇ, ಬೂಲ್‌ನ ಗಣಿತ ಅದಕ್ಕ ಹೊಂದ್ತದ ಅಂತ ತೋರ್ಸಿದ, ನಿಮ್ಮಪ್ಪ ಸರಿ ಹಾದಿಯಾಗ ಅದಾರ ಅಂದ್ರು. ಅಪ್ಪಗ ಇದನ್ನ ಹೇಳಿದ್ದಕ್ಕ "ಅವರು ವೈರಿಂಗ್ ಮಾಡಿದ್ರೇನು?" ಅಂತ ಕೇಳ್ದ.

ಇನ್ನ ಲ್ಯಾಬಿನ ಕಥಿ. ಅದ ಸರ್ಕ್ಯೂಟ್ ಟ್ರೇನರ್ ಕಿಟ್ ಮ್ಯಾಲ ಹಾಕ್ಬೇಕಿತ್ತು, 7400 ರ 14ನೇ ಪಿನ್ನಿಗೆ ಐದು ವೋಲ್ಟ್, 7ನೇದಕ್ಕ ಗ್ರೌಂಡ್, ಬ್ಯಾಸಗಿ ಮಧ್ಯಾಹ್ನ, ಫ್ಯಾನ್ ಇದ್ದೂ ಇಲ್ಲದಂಗ. ನಾವಿಬ್ರೂ ವೈರ್ ಹಾಕಿ ಸ್ವಿಚ್ ಒತ್ತಿದ್ವಿ. 00 ಕ್ಕ ಎಲ್ಇಡಿ ಆರಿತ್ತು, 01 ಕ್ಕ ಹತ್ತಿತು, 10 ಕ್ಕ ಹತ್ತಿತು. ಮೂರು ಸರಿ ಬಂದ ಮ್ಯಾಲ ನಾಲ್ಕನೇದು ಬರ್ತದ ಬಿಡು ಅಂತ ರೆಕಾರ್ಡಿನ್ಯಾಗ ನಾಲ್ಕೂ ಸಾಲು ಬರದು ಸೈನ್ ಹಾಕಿಸ್ಕೊಳ್ಳಾಕ ಹೋದ್ವಿ. ಮೇಡಂ ಬಂದವ್ರ ಮೊದ್ಲು ಎರಡೂ ಸ್ವಿಚ್ ಮ್ಯಾಲ ಮಾಡಿದ್ರು. ಎಲ್ಇಡಿ ಹತ್ತೇ ಇತ್ತು. ನನ್ನ ಮಾರಿ ಬಿಸಿ ಆತು.

"ಐಸಿ ಸುಟ್ಟೈತ್ರಿ" ಅಂದ ಪಾರ್ಟ್ನರ್. ಐಸಿ ಬದ್ಲಿ ಮಾಡಿದ್ವಿ, ಹಂಗ ಇತ್ತು. ಮೇಡಂ ಮಲ್ಟಿಮೀಟರ್ ಕೈಗೆ ಕೊಟ್ಟು, ಟೆಸ್ಟಿನ್ಯಾಗ ಹೆಂಗ ಹಿಂದಕ್ಕ ಹೋಗಿದ್ರಿ ಹಂಗ ಹೋಗ್ರಿ ಅಂತ ಹೇಳಿ ಹೋದ್ರು. ಎರಡೂ ಇನ್‌ಪುಟ್ 1 ಇದ್ದಾಗ Y ತಪ್ಪಾಗಿ 1. ಹಂಗಾದ್ರ G4 ಗೆ ಎಲ್ಲೋ ಒಂದು 0 ಬರಾಕತ್ತೈತಿ. G2 ನೋಡಿದ್ವಿ, 1 ಐತಿ, ಸರಿ. G3, ಅಂದ್ರ 8ನೇ ಪಿನ್, 0 ಐತಿ, ಇದು ತಪ್ಪು. ನ್ಯಾಂಡ್ 0 ಕೊಡ್ಬೇಕಂದ್ರ ಎರಡೂ ಕಾಲು 1 ಇರ್ಬೇಕು. 9ನೇ ಪಿನ್ B, ಅದು 1 ಇರೋದ ಸರಿ. ಹಂಗಾದ್ರ 10ನೇ ಪಿನ್. ಅಲ್ಲಿಗಿ ವೈರ್ ಬರೋದು G1 ಔಟ್‌ಪುಟ್ 3ನೇ ಪಿನ್ನಿಂದ. 3ನೇ ಪಿನ್ನಿನ್ಯಾಗ 0.2 ವೋಲ್ಟ್, 10ನೇ ಪಿನ್ನಿನ್ಯಾಗ 1.5 ವೋಲ್ಟ್. ಒಂದ ವೈರಿನ ಎರಡು ತುದಿ, ಎರಡು ನಮೂನಿ ವೋಲ್ಟೇಜ್! ಪ್ಯಾಚ್ ಕಾರ್ಡ್ ಹೊರಗ ಚೊಲೋ ಕಾಣ್ತಿತ್ತು, ಪ್ಲಾಸ್ಟಿಕ್ ಒಳಗ ತಂತಿ ಕಡದಿತ್ತು.

ನಮ್ಮ 7400 ದಂಥ ಟಿಟಿಎಲ್ ಐಸಿಯ ಇನ್‌ಪುಟ್ ಸುಮ್ನ ಗಾಳಿಯಾಗ ಬಿಟ್ರ ಅದು 1 ಅಂತ ತಿಳ್ಕೋತದ, ಮೀಟರಿನ್ಯಾಗ ಸುಮಾರು ಒಂದೂವರಿ ವೋಲ್ಟ್ ತೋರಿಸ್ತದ, 0.8 ಕ್ಕಿಂತ ಕಡಿಮಿ ಇದ್ರ 0, 2 ಕ್ಕಿಂತ ಜಾಸ್ತಿ ಇದ್ರ 1 ಅನ್ನೋ ನಿಯಮದ ನಟ್ಟನಡುವ. ಹಂಗಾಗಿ ನಾವು ಕೂಡ್ಸಿದ್ದು ಖರೇ ಅಂದ್ರ ಬಿಟ್ಟ ವೈರ್ ಯಾವಾಗ್ಲೂ 1 ಇರೋ ಸರ್ಕ್ಯೂಟು. ಟೇಬಲ್ ಹಾಕಿ ನೋಡಿದ್ರ G3 ಬರೇ B ಯ ಉಲ್ಟಾ ಆಗ್ತದ, Y ಬರೋದು 0, 1, 1, 1. ಅಂದ್ರ ಎಕ್ಸಾರ್ ಹೋಗಿ ಆರ್ ಗೇಟ್ ಆಗಿತ್ತು. ಮೂರು ಸಾಲು ಯಾಕ ಸರಿ ಬಂದ್ವು ಅಂದ್ರ, B ಸೊನ್ನಿ ಇರೋ ಎರಡು ಸಾಲಿಗೆ ಆ ವೈರಿನ ಹಂಗೇ ಇಲ್ಲ, 01 ಕ್ಕ ವೈರ್ 1 ಇರ್ಬೇಕಾದ್ದು, ಕಡದ ವೈರೂ 1 ಅಂತ ಕಾಣ್ತದ. ತಪ್ಪು ಹೊರಗ ಬೀಳೋದು ನಾಲ್ಕನೇ ಸಾಲಿನ್ಯಾಗ ಮಾತ್ರ. ಅದ ಕಡದ ವೈರಿನ 10ನೇ ಪಿನ್ ಕಡಿ ತುದಿ ಗ್ರೌಂಡಿಗೆ ತಾಗಿದ್ರ G3 ಯಾವಾಗ್ಲೂ 1, ಆಗ Y 0, 0, 1, 0 ಬರ್ತಿತ್ತು, ಕೆಡ್ತಿದ್ದದ್ದು ಎರಡನೇ ಸಾಲು. ಯಾವ ಸಾಲು ಕೆಟ್ಟೈತಿ ಅಂತ ನೋಡಿ ಕಡದ ತುದಿ ಗಾಳಿಯಾಗ ಐತೋ ಗ್ರೌಂಡಿಗೆ ತಾಗೈತೋ ಹೇಳಬಹುದು ಅನ್ನೋದು ಗೊತ್ತಾದ ದಿನ ನಾವಿಬ್ರೂ ಲ್ಯಾಬ್ ಮುಗದ ಮ್ಯಾಲೂ ಅರ್ಧ ತಾಸು ಒಂದೊಂದ ವೈರ್ ಕಿತ್ತು ಟೇಬಲ್ ಬರ್ಕೋತ ಕುಂತಿದ್ವಿ, ಅವನ ಬಾದಾಮಿ ಬಸ್ ಹೋತು.

ಈಗಿನ ಲ್ಯಾಬಿನ್ಯಾಗ 74HC00 ಇದ್ರ ಇದು ಹಿಂಗ ನಡಿಯಂಗಿಲ್ಲ, ಸ್ವಲ್ಪ ಹುಷಾರಿ. ಅದು ಟಿಟಿಎಲ್ ಅಲ್ಲ, ಸಿಮಾಸ್, ಬಿಟ್ಟ ಕಾಲು 1 ಅಂತ ಕೂಡಂಗಿಲ್ಲ, ಕೈ ಹತ್ರ ತಂದ್ರ ಎಲ್ಇಡಿ ಮಿಣುಕ್ತದ, ಒಮ್ಮೆ ಸರಿ ಒಮ್ಮೆ ತಪ್ಪು. ಫೈನಲ್ ಇಯರ್ ಪ್ರಾಜೆಕ್ಟಿನ್ಯಾಗ ನಾನು ಇದಕ್ಕ ಎರಡು ದಿನ ಹಾಳು ಮಾಡ್ಕೊಂಡೀನಿ, ಉಪಯೋಗಿಸದ ಗೇಟಿನ ಕಾಲು ಗ್ರೌಂಡಿಗೆ ಕಟ್ಟಿರ್ಲಿಲ್ಲ ಅಂತ.

ಅಪ್ಪ ಈಗ ಕೆಲಸ ಬಿಟ್ಟಾನ. ಹೋದ ದೀಪಾವಳಿಗೆ ಊರಿಗೆ ಹೋದಾಗ ನಮ್ಮನಿ ಮೆಟ್ಟಿಲದ ಸ್ವಿಚ್ಚು ಎರಡೂ ಕೆಳಗ ಮಾಡಿ ನೋಡ್ದೆ. ದೀಪ ಹತ್ತಿತು. ಅಪ್ಪಗ ತೋರಿಸ್ದೆ, "ಗೊತ್ತದ ಬಿಡೋ, ಅವತ್ತು ಅವಸರ ಇತ್ತು" ಅಂದ.