ಸ್ಟೇಟಸ್ ನೋಡಿ ಏರ್‌ಪೋರ್ಟ್ ಕ್ಯಾಬ್ ಬುಕ್ ಮಾಡಿದ್ದು: ಮೈಸೂರಿನಿಂದ ದೇವನಹಳ್ಳಿವರೆಗೆ

ಅಪ್ಪ, ಅಮ್ಮ ಇಬ್ಬರನ್ನೂ ದೆಹಲಿಯಲ್ಲಿರುವ ಅಕ್ಕನ ಮನೆಗೆ ಬಿಟ್ಟು ಬರಬೇಕಿತ್ತು. ಭಾನುವಾರ ಬೆಳಿಗ್ಗೆ 6:10ಕ್ಕೆ ಬೆಂಗಳೂರಿನಿಂದ ವಿಮಾನ. ಮೈಸೂರಿನ ನಮ್ಮ ಮನೆಯಿಂದ ಏರ್‌ಪೋರ್ಟ್‌ಗೆ ಸುಮಾರು 185 ಕಿ.ಮೀ. ಬಸ್ಸಿನ ಸಮಯ ನಮಗೆ ಹೊಂದಲಿಲ್ಲ. ಅಮ್ಮನಿಗೆ ಮಂಡಿ ನೋವು ಬೇರೆ. ಹಾಗಾಗಿ ಕಾರೇ ಸರಿ ಅಂತ ತೀರ್ಮಾನಿಸಿದೆವು.

ಆಫೀಸಿನ ಗೆಳತಿಯೊಬ್ಬಳು ತನಗೆ ಗೊತ್ತಿರುವ ಡ್ರೈವರ್ ನಂಬರ್ ಕೊಟ್ಟಳು. "ಸೇವ್ ಮಾಡ್ಕೋ, ಅವರಿಗೂ ನಿನ್ನ ನಂಬರ್ ಸೇವ್ ಮಾಡ್ಕೊಳ್ಳೋಕೆ ಹೇಳು, ದಿನಾ ಸ್ಟೇಟಸ್‌ನಲ್ಲಿ ರೇಟ್ ಹಾಕ್ತಾರೆ" ಅಂದಳು. ಇಬ್ಬರ ಫೋನಿನಲ್ಲೂ ಇಬ್ಬರ ನಂಬರ್ ಇಲ್ಲದಿದ್ದರೆ ವಾಟ್ಸಾಪ್ ಸ್ಟೇಟಸ್ ಕಾಣುವುದಿಲ್ಲ. ಮೊದಲು ಒಂದು ಮೆಸೇಜ್ ಕಳಿಸಿ ಹೆಸರು ಹೇಳಿಕೊಳ್ಳಬೇಕು. ಮಾರನೇ ದಿನ ಅವರ ಸ್ಟೇಟಸ್ ಕಾಣಿಸಿತು. "ಮೈಸೂರು – ಬೆಂಗಳೂರು ಏರ್‌ಪೋರ್ಟ್ ಡ್ರಾಪ್. ಸೆಡಾನ್ 3,200. ಎರ್ಟಿಗಾ 4,200. ಫಿಕ್ಸ್ ರೇಟ್. ಅಡ್ವಾನ್ಸ್ ಬುಕಿಂಗ್ ಮಾತ್ರ."

ಇಲ್ಲಿ ನಾನು ಮಾಡಿದ ಒಂದು ಕೆಲಸ ಆಮೇಲೆ ತುಂಬಾ ಉಪಯೋಗಕ್ಕೆ ಬಂತು. ಸ್ಟೇಟಸ್ 24 ಗಂಟೆಯಲ್ಲಿ ಮಾಯವಾಗುತ್ತದೆ. ನೀವು ಹತ್ತು ದಿನ ಮೊದಲು ಬುಕ್ ಮಾಡಿದರೆ, ಪ್ರಯಾಣದ ದಿನ ಆ ರೇಟ್ ಎಲ್ಲೂ ಇರುವುದಿಲ್ಲ. ಅದಕ್ಕೆ ಮೊದಲು ಸ್ಕ್ರೀನ್‌ಶಾಟ್ ತೆಗೆದೆ. ಆಮೇಲೆ ಫೋನ್ ಮಾಡದೆ, ಆ ಸ್ಟೇಟಸ್‌ಗೇ ರಿಪ್ಲೈ ಮಾಡಿ ಮಾತು ಶುರು ಮಾಡಿದೆ. ಹಾಗೆ ಮಾಡಿದರೆ ಯಾವ ಸ್ಟೇಟಸ್‌ಗೆ ಉತ್ತರ ಕೊಟ್ಟಿದ್ದೀರಿ ಅನ್ನುವುದರ ಗುರುತು ಚಾಟ್‌ನಲ್ಲೇ ಉಳಿಯುತ್ತದೆ. ಡ್ರೈವರ್‌ಗೂ ಅನುಕೂಲ. ಅವರು ದಿನಕ್ಕೆ ಹತ್ತು ಜನರ ಹತ್ತಿರ ಮಾತಾಡುತ್ತಾರೆ, ಯಾರಿಗೆ ಎಷ್ಟು ಹೇಳಿದೆ ಅಂತ ನೆನಪಿಟ್ಟುಕೊಳ್ಳುವುದು ಕಷ್ಟ.

ಇನ್ನು ಫಿಕ್ಸ್ ರೇಟ್ ಅಂದರೆ ಏನೇನು ಫಿಕ್ಸ್? ಇದನ್ನು ಕೇಳಲೇಬೇಕು. ಕೇಳಿದಾಗ ತಿಳಿದದ್ದು, 4,200 ಅನ್ನುವುದು ಬರೀ ಗಾಡಿ ಬಾಡಿಗೆ. ಎಕ್ಸ್‌ಪ್ರೆಸ್‌ವೇ ಟೋಲ್ ಬೇರೆ, ರಾತ್ರಿ ಬಾಟಾ ಬೇರೆ. ಮೈಸೂರಿನಿಂದ ಹೊರಟರೆ ಶ್ರೀರಂಗಪಟ್ಟಣದ ಹತ್ತಿರ ಗಣಂಗೂರಿನಲ್ಲಿ ಒಂದು ಟೋಲ್, ಬಿಡದಿ ದಾಟಿದ ಮೇಲೆ ಇನ್ನೊಂದು. ಬೆಂಗಳೂರು ಹತ್ತಿರ ಬಂದ ಮೇಲೆ ನೈಸ್ ರೋಡ್ ಹತ್ತಿದರೆ ಅದರ ಟೋಲ್ ಮತ್ತೆ ಬೇರೆ. ಏರ್‌ಪೋರ್ಟ್ ರಸ್ತೆಯಲ್ಲಿ ಸಾದಹಳ್ಳಿ ಟೋಲ್ ಇದೆ. ಗಾಡಿ ಖಾಲಿ ವಾಪಸ್ ಬರುವಾಗಿನ ಟೋಲ್ ಯಾರದು ಅನ್ನುವುದೂ ಪ್ರಶ್ನೆಯೇ. ಇವನ್ನೆಲ್ಲ ಒಂದೊಂದಾಗಿ ಚೌಕಾಸಿ ಮಾಡುವುದು ನನಗೆ ಸರಿ ಕಾಣಲಿಲ್ಲ. "ಅಣ್ಣ, ಟೋಲ್, ಬಾಟಾ, ನೈಸ್ ರೋಡ್, ನಿಮ್ಮ ವಾಪಸ್ ಟೋಲ್ ಎಲ್ಲಾ ಸೇರಿಸಿ ಒಂದೇ ಮೊತ್ತ ಹೇಳಿ" ಅಂದೆ. ಸ್ವಲ್ಪ ಲೆಕ್ಕ ಹಾಕಿ 4,800 ಅಂದರು. ಒಪ್ಪಿಕೊಂಡೆ. ಅದನ್ನೇ ಮೆಸೇಜ್‌ನಲ್ಲಿ ಬರೆಸಿಕೊಂಡೆ. ಅಡ್ವಾನ್ಸ್ 500 ಕಳಿಸಿದೆ. ಯುಪಿಐನಲ್ಲಿ ಕಳಿಸುವ ಮುಂಚೆ ಬರುವ ಹೆಸರು, ಅವರು ಹೇಳಿದ ಹೆಸರು ಎರಡೂ ಒಂದೇನಾ ಅಂತ ನೋಡಿಕೊಳ್ಳಿ. ಪೂರ್ತಿ ಹಣ ಮುಂಚೆ ಕೇಳುವವರಿಗೆ ಕೊಡಬೇಡಿ. ಗಾಡಿ ಇನ್ನೂ ಬಂದೇ ಇರುವುದಿಲ್ಲ.

ಅವರ ಕಡೆಯ ಲೆಕ್ಕವೂ ನಮಗೆ ಗೊತ್ತಿರಬೇಕು. ಡ್ರಾಪ್ ಅಂದರೆ ನಮಗೆ 185 ಕಿ.ಮೀ., ಅವರಿಗೆ ಹೋಗಿ ಬರುವುದು 370. ವಾಪಸ್ ಬರುವಾಗ ಏರ್‌ಪೋರ್ಟ್‌ನಿಂದ ಮೈಸೂರಿಗೆ ಯಾರಾದರೂ ಸಿಕ್ಕರೆ ಮಾತ್ರ ಅವರಿಗೆ ನಾಲ್ಕು ಕಾಸು ಉಳಿಯುತ್ತದೆ. ಹಾಗಾಗಿ ಒಂದು ಟ್ರಿಪ್ಪಿನ ಬಾಲಕ್ಕೆ ಇನ್ನೊಂದು ಟ್ರಿಪ್ ಕಟ್ಟಿರುತ್ತಾರೆ. ಹಗಲೆಲ್ಲ ಓಡಿಸಿ, ರಾತ್ರಿ ನಿಮ್ಮನ್ನು ಹತ್ತಿಸಿಕೊಳ್ಳುವುದೂ ಉಂಟು. "ನಮ್ಮ ಟ್ರಿಪ್‌ಗೆ ಮೊದಲು ಎಲ್ಲಿಗೆ ಹೋಗಿರ್ತೀರಾ, ಎಷ್ಟು ಗಂಟೆಗೆ ಫ್ರೀ ಆಗ್ತೀರಾ?" ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ನಡುರಾತ್ರಿ ನಿದ್ದೆಗಣ್ಣಲ್ಲಿ ಓಡಿಸುವ ಗಾಡಿಯಲ್ಲಿ ಕೂರುವವರು ನಾವೇ ಅಲ್ವಾ?

ನಾವು ಸೆಡಾನ್ ಬಿಟ್ಟು ಎರ್ಟಿಗಾ ಹೇಳಿದ್ದಕ್ಕೆ ಕಾರಣ ಲಗೇಜು. ಇರುವುದು ಮೂರೇ ಜನ, ಸೆಡಾನ್ ಸಾಕು ಅಂತ ಮೊದಲು ಅಂದುಕೊಂಡಿದ್ದೆ. ಆದರೆ ಬಾಡಿಗೆಗೆ ಓಡುವ ಸೆಡಾನ್‌ಗಳಲ್ಲಿ ಜಾಸ್ತಿ ಸಿಎನ್‌ಜಿ ಗಾಡಿಗಳೇ. ಡಿಕ್ಕಿಯಲ್ಲಿ ಸಿಲಿಂಡರ್ ಕೂತಿರುತ್ತದೆ. ದೊಡ್ಡ ಸೂಟ್‌ಕೇಸ್ ಒಂದು ಹಿಡಿಯುವುದೇ ಕಷ್ಟ. ನಮ್ಮದು ದೊಡ್ಡವೇ ಮೂರು. ಡಿಕ್ಕಿ ತೆಗೆದು ಒಂದು ಫೋಟೋ ಕಳಿಸಿ ಅಂತ ಕೇಳಿದರೆ ಇದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಎರ್ಟಿಗಾದಲ್ಲಿ ಹಿಂದಿನ ಸೀಟು ಮಡಚಿದರೆ ಮೂರೂ ಹಿಡಿದವು. ಸಿಎನ್‌ಜಿ ಗಾಡಿಯಾದರೆ ಮನೆಗೆ ಬರುವ ಮುಂಚೆಯೇ ಗ್ಯಾಸ್ ತುಂಬಿಸಿಕೊಂಡು ಬರಲು ಹೇಳಿ. ದಾರಿಯಲ್ಲಿ ತುಂಬಿಸುವುದಾದರೆ ಕ್ಯೂ ಇರುತ್ತದೆ, ತುಂಬಿಸುವಾಗ ಎಲ್ಲರೂ ಕೆಳಗಿಳಿದು ದೂರ ನಿಲ್ಲಬೇಕು. ವಯಸ್ಸಾದವರಿಗೆ ಅದು ತ್ರಾಸ.

ಹೊರಡುವ ಸಮಯವನ್ನು ಹಿಂದಿನಿಂದ ಲೆಕ್ಕ ಹಾಕಿದೆ. ದೇಶದೊಳಗಿನ ವಿಮಾನಕ್ಕೆ ಲಗೇಜ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತಾರೆ. ಅಂದರೆ ನಮಗೆ 5:10. ಅಮ್ಮನ ನಿಧಾನ ನಡಿಗೆ, ಗೇಟಿನ ಸಾಲು ಎಲ್ಲ ಸೇರಿ ಒಂದು ಗಂಟೆ ಬೇಕು. ಹಾಗಾಗಿ 4:10ಕ್ಕೆ ಅಲ್ಲಿರಬೇಕು. ಹಳದಿ ಬೋರ್ಡ್ ಗಾಡಿಗಳಿಗೆ ಸಾಮಾನ್ಯವಾಗಿ 80 ಕಿ.ಮೀ.ಗೆ ಸ್ಪೀಡ್ ಗವರ್ನರ್ ಹಾಕಿರುತ್ತಾರೆ. ನಮ್ಮ ಸ್ವಂತ ಕಾರಿನಲ್ಲಿ ಹೋಗಿದ್ದ ಸಮಯವನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ರಾತ್ರಿ ಖಾಲಿ ರಸ್ತೆಗೆ ಮೂರೂವರೆ ಗಂಟೆ ಇಟ್ಟುಕೊಂಡು, ಮೇಲೆ 25 ನಿಮಿಷ ಸೇರಿಸಿ, 12:15ಕ್ಕೆ ಹೊರಡುವುದು ಅಂತ ನಿರ್ಧರಿಸಿದೆ. "16ನೇ ತಾರೀಖು ರಾತ್ರಿ 12:15ಕ್ಕೆ ಮನೆ ಹತ್ತಿರ ಬನ್ನಿ" ಅಂತ ಮೆಸೇಜ್ ಹಾಕಿದೆ. ಅವರು "ಓಕೆ ಮೇಡಂ" ಅಂದರು.

ತಪ್ಪು ಆದದ್ದು ಈ ಸಾಲಿನಲ್ಲೇ.

15, ಶನಿವಾರ ಸಂಜೆ 5 ಗಂಟೆಗೆ, ಎಲ್ಲಾ ಸರಿಯಾಗಿದೆಯಾ ಅಂತ ಕೇಳಲು ಫೋನ್ ಮಾಡಿದೆ. "ನಾಳೆ ರಾತ್ರಿ ಅಲ್ವಾ ಮೇಡಂ? ನಾನೀಗ ಹಾಸನದಲ್ಲಿದೀನಿ" ಅಂದರು. ಕೈಕಾಲು ತಣ್ಣಗಾಯಿತು. ಅವರ ತಪ್ಪು ಅನ್ನಲು ಆಗುವುದಿಲ್ಲ. ನಾವು ಮಾತಿನಲ್ಲಿ 16ರ ರಾತ್ರಿ ಅಂದರೆ ಭಾನುವಾರ ಕತ್ತಲಾದ ಮೇಲಿನ ರಾತ್ರಿ. ಗಡಿಯಾರದ ಲೆಕ್ಕದಲ್ಲಿ 16ರ 12:15 ಅಂದರೆ ಶನಿವಾರ ರಾತ್ರಿ ಮಲಗುವ ಹೊತ್ತು. ಇಬ್ಬರೂ ಸರಿಯಾಗಿಯೇ ಓದಿದ್ದೆವು, ಆದರೆ ಬೇರೆ ಬೇರೆ ರಾತ್ರಿಗೆ. ನಡುರಾತ್ರಿ ದಾಟಿ ಹೊರಡುವ ಎಲ್ಲರಿಗೂ ಇದು ಆಗಬಹುದು. ತಾರೀಖಿನ ಜೊತೆ ವಾರವನ್ನೂ, ವಿಮಾನದ ಹೊತ್ತನ್ನೂ ಬರೆಯಿರಿ. ಸಂಜೆ ಐದಕ್ಕೇ ಕೇಳಿದ್ದರಿಂದ ನಮಗೆ ಏಳು ಗಂಟೆ ಉಳಿದಿತ್ತು. ರಾತ್ರಿ ಹನ್ನೊಂದಕ್ಕೆ ಕೇಳಿದ್ದರೆ ಏನೂ ಮಾಡಲು ಆಗುತ್ತಿರಲಿಲ್ಲ.

ಅವರು ಕೈಬಿಡಲಿಲ್ಲ. "ನಮ್ಮ ಹುಡುಗನ್ನ ಕಳಿಸ್ತೀನಿ" ಅಂದರು. ಡ್ರೈವರ್‌ಗಳು ಹೀಗೆ ಒಬ್ಬರಿಗೊಬ್ಬರು ಟ್ರಿಪ್ ಕೊಟ್ಟುಕೊಳ್ಳುವುದು ಮಾಮೂಲು. ಆದರೆ ಬೇರೆ ಗಾಡಿ ಬಂದಾಗ ರೇಟೂ ಬೇರೆ ಆಗುವ ಸಂಭವ ಇರುತ್ತದೆ, ಕೊಟ್ಟ ಅಡ್ವಾನ್ಸ್ ಹೊಸಬರಿಗೆ ಗೊತ್ತೇ ಇರುವುದಿಲ್ಲ. ಗಾಡಿ ನಂಬರ್ ಕಳಿಸಲು ಹೇಳಿದೆ. ಕಳಿಸಿದ ಫೋಟೋ ನೋಡಿದರೆ ಬಿಳಿ ಬೋರ್ಡ್. ಬೇಡ ಅಂದೆ. ಬಿಳಿ ಬೋರ್ಡ್ ಸ್ವಂತ ಬಳಕೆಯ ಗಾಡಿ. ಅದನ್ನು ಬಾಡಿಗೆಗೆ ಓಡಿಸುವುದು ನಿಯಮಕ್ಕೆ ವಿರುದ್ಧ. ದಾರಿಯಲ್ಲಿ ಆರ್‌ಟಿಓ ಹಿಡಿದರೆ ನಮ್ಮ ವಿಮಾನ ತಪ್ಪುತ್ತದೆ. ಅಪಘಾತವಾದರೆ ವಿಮೆ ಕಂಪನಿ ತಕರಾರು ತೆಗೆಯಬಹುದು. ಬಾಡಿಗೆ ಗಾಡಿಗೆ ಹಳದಿ ಬೋರ್ಡ್ ಮೇಲೆ ಕಪ್ಪು ಅಕ್ಷರ ಇರಬೇಕು. ಎಲೆಕ್ಟ್ರಿಕ್ ಟ್ಯಾಕ್ಸಿಯಾದರೆ ಹಸಿರು ಬೋರ್ಡ್ ಮೇಲೆ ಹಳದಿ ಅಕ್ಷರ.

ಏಳು ಗಂಟೆ ಹೊತ್ತಿಗೆ ಇನ್ನೊಂದು ಎರ್ಟಿಗಾ ನಂಬರ್ ಬಂತು, ಹಳದಿ ಬೋರ್ಡ್. mParivahan ಆ್ಯಪ್‌ನಲ್ಲಿ ನಂಬರ್ ಹಾಕಿ ಫಿಟ್‌ನೆಸ್, ವಿಮೆ ಎರಡಕ್ಕೂ ಅವಧಿ ಇದೆಯಾ ಅಂತ ನೋಡಿದೆ. ಇತ್ತು. ಆಮೇಲೆ ಮೂವರದ್ದೂ ಒಂದು ಗ್ರೂಪ್ ಮಾಡಿ, ಮೊದಲಿನ ಡ್ರೈವರ್ ಅಣ್ಣನ ಕೈಯಲ್ಲೇ ಬರೆಸಿದೆ: "ಒಟ್ಟು 4,800, ಎಲ್ಲಾ ಸೇರಿ. 500 ನನಗೆ ಬಂದಿದೆ. ಬಾಕಿ 4,300 ಏರ್‌ಪೋರ್ಟ್‌ನಲ್ಲಿ ನಿಮಗೆ ಕೊಡ್ತಾರೆ." ಹೊಸ ಡ್ರೈವರ್ "ಸರಿ" ಅಂತ ಹಾಕಿದರು. ನನಗೆ ಮನಸ್ಸು ಹಗುರಾಯಿತು.

ಗಾಡಿ 12:05ಕ್ಕೇ ಬಂತು. ಹುಡುಗ ಸಂಜೆ ಮಲಗಿ ಎದ್ದು ಬಂದಿದ್ದ. ಎಕ್ಸ್‌ಪ್ರೆಸ್‌ವೇ ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ ಎಲ್ಲವನ್ನೂ ಬೈಪಾಸ್‌ನಲ್ಲಿ ದಾಟಿಸುತ್ತದೆ. ಊರೊಳಗೆ ಇಳಿಯದೆ ಟೀ, ಶೌಚಾಲಯ ಸಿಗುವುದು ಕಷ್ಟ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ, ಅದಕ್ಕೆ ಹೊರಡುವಾಗಲೇ ಹೇಳಿಟ್ಟಿದ್ದೆ. ಕೆಂಗೇರಿ ಹತ್ತಿರ ಪೆಟ್ರೋಲ್ ಬಂಕ್‌ನಲ್ಲಿ ಹತ್ತು ನಿಮಿಷ ನಿಲ್ಲಿಸಿದರು. ಅಲ್ಲಿಂದ ನೈಸ್ ರೋಡ್ ಹತ್ತಿ, ತುಮಕೂರು ರಸ್ತೆಗೆ ಬಂದು, ಹೆಬ್ಬಾಳದ ಮೇಲೆ ಹೋದೆವು. ನೈಸ್ ಟೋಲ್ ಹತ್ತಿರ ಅವರು ಒಮ್ಮೆ ನನ್ನ ಕಡೆ ತಿರುಗಿದರು. "ಎಲ್ಲಾ ಸೇರಿ ಅಂತ ಗ್ರೂಪ್‌ನಲ್ಲಿದೆ ಅಣ್ಣ" ಅಂದೆ. ಮೆಸೇಜ್ ನೋಡಿ, ಹೌದು ಅಂದು, ಮುಂದೆ ಹೋದರು. ಮಾತಿಗೆ ಮಾತು ಬೆಳೆಯಲೇ ಇಲ್ಲ.

ಟರ್ಮಿನಲ್ ಯಾವುದು ಅಂತ ಮುಂಚೆಯೇ ಹೇಳಿರಿ. 2023ರ ಸೆಪ್ಟೆಂಬರ್‌ನಿಂದ ವಿದೇಶದ ವಿಮಾನಗಳು ಟರ್ಮಿನಲ್ 2ರಿಂದ ಹೊರಡುತ್ತಿವೆ. ದೇಶದೊಳಗಿನವು ಎರಡರಲ್ಲೂ ಹಂಚಿವೆ. ಟಿಕೆಟ್‌ನಲ್ಲಿ T1 ಅಥವಾ T2 ಅಂತ ಇರುತ್ತದೆ. ರಾತ್ರಿ ಹೊತ್ತು ತಪ್ಪು ಟರ್ಮಿನಲ್‌ನಲ್ಲಿ ಲಗೇಜ್ ಇಳಿಸಿದರೆ ವಯಸ್ಸಾದವರ ಜೊತೆ ಒದ್ದಾಡಬೇಕಾಗುತ್ತದೆ.

3:50ಕ್ಕೆ ಇಳಿದೆವು. 4,300 ಕೊಟ್ಟು, ಗ್ರೂಪ್‌ನಲ್ಲಿ "ಪೂರ್ತಿ ಹಣ ಕೊಟ್ಟಿದೆ" ಅಂತ ಹಾಕಿದೆ. ಎರಡು ತಿಂಗಳ ನಂತರ ಅಪ್ಪ, ಅಮ್ಮ ವಾಪಸ್ ಬರುವಾಗಲೂ ಮೊದಲಿನ ಡ್ರೈವರ್ ಅಣ್ಣನಿಗೇ ಹೇಳಿದೆ. ಈ ಸಲ ಮೆಸೇಜ್ ಹೀಗಿತ್ತು: "ಶುಕ್ರವಾರ ಮಲಗಿ ಏಳುವ ಮೊದಲು, ಶನಿವಾರ ಬೆಳಗಿನ ಜಾವ 1:40ಕ್ಕೆ ವಿಮಾನ ಇಳಿಯುತ್ತೆ. ಟರ್ಮಿನಲ್ 2. ಇಬ್ಬರು, ಮೂರು ದೊಡ್ಡ ಸೂಟ್‌ಕೇಸ್. ಪಾರ್ಕಿಂಗ್, ಟೋಲ್, ಬಾಟಾ ಎಲ್ಲಾ ಸೇರಿ ಎಷ್ಟು?" ಅವರು ಮೊತ್ತ ಬರೆದು, ಕೆಳಗೆ "ಶುಕ್ರವಾರ ರಾತ್ರಿ 9ಕ್ಕೆ ಮೈಸೂರು ಬಿಡ್ತೀನಿ ಮೇಡಂ" ಅಂತ ತಾವಾಗಿಯೇ ಸೇರಿಸಿದರು.