ನಿಧಾನಗತಿಯಲ್ಲಿ ನಿಂತುಹೋಗುತ್ತಿದ್ದ ಔಟ್‌ಬೋರ್ಡ್ ಎಂಜಿನ್: ಇಂಪೆಲ್ಲರ್ ಬದಲಾವಣೆಯ ದಾಖಲೆ

ಗಂಗೊಳ್ಳಿಯಲ್ಲಿರುವ ನಮ್ಮ ನಾಡದೋಣಿಯ ಎಂಜಿನ್ 9.9 ಅಶ್ವಶಕ್ತಿಯದು. ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಮಾದರಿ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧವು 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ, ದೊಡ್ಡ ಬೋಟುಗಳೆಲ್ಲ ದಕ್ಕೆಯಲ್ಲಿ ನಿಂತಿರುವಾಗಲೇ ಈ ಎಂಜಿನ್ನಿಗೆ ಹೆಚ್ಚು ದುಡಿಮೆ. ಈ ಮಳೆಗಾಲದಲ್ಲಿ ಅದು ಹೊಸ ತೊಂದರೆ ತೋರಿಸಿತು. ಪೂರ್ಣ ವೇಗದಲ್ಲಿ ಓಡುವಾಗ ಏನೂ ಆಗುತ್ತಿರಲಿಲ್ಲ. ಬಲೆ ಬಿಡಲು ವೇಗ ತಗ್ಗಿಸಿದ ಐದಾರು ನಿಮಿಷಗಳಲ್ಲಿ ಮಾತ್ರ ಎಂಜಿನ್ನಿನ ಸದ್ದು ಭಾರವಾಗಿ, ಸುತ್ತು ಇಳಿಯುತ್ತಾ ಬಂದು ನಿಂತುಹೋಗುತ್ತಿತ್ತು. ಮುಚ್ಚಳ ತೆಗೆದರೆ ಹೆಡ್ಡಿನ ಬಳಿ ಕೈ ಒಯ್ಯಲಾಗದಷ್ಟು ಬಿಸಿ. ಕಾಲು ಗಂಟೆ ಬಿಟ್ಟರೆ ಮತ್ತೆ ಹಗ್ಗ ಎಳೆದೊಡನೆ ಚಾಲೂ ಆಗುತ್ತಿತ್ತು.

ದಕ್ಕೆಯಲ್ಲಿ ಕೇಳಿದವರೆಲ್ಲ ಇದು ಸೀಮೆಎಣ್ಣೆಯ ದೋಷವೆಂದರು. ಆ ಮಾತಿಗೆ ಆಧಾರವಿಲ್ಲದಿಲ್ಲ. ಸೀಮೆಎಣ್ಣೆ ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ನಿಧಾನಗತಿಯಲ್ಲಿ ಬಹಳ ಹೊತ್ತು ಓಡಿಸಿದರೆ ಪ್ಲಗ್ಗಿನ ತುದಿ ಕಪ್ಪಾಗಿ ಒದ್ದೆಯಾಗುತ್ತದೆ, ಕಿಡಿ ತಪ್ಪುತ್ತದೆ, ಎಂಜಿನ್ ನಿಲ್ಲುತ್ತದೆ. ಆದರೆ ಪ್ಲಗ್ ಕೊಳೆಯಾಗಿ ನಿಂತ ಎಂಜಿನ್ನು ಸುಮ್ಮನೆ ಆರಲು ಬಿಟ್ಟ ಮಾತ್ರಕ್ಕೆ ಸರಿಯಾಗಿ ಚಾಲೂ ಆಗುವುದಿಲ್ಲ. ಆರಿದ ಮೇಲೆ ತಾನಾಗಿ ಸರಿಹೋಗುವ ತೊಂದರೆಯೆಂದರೆ ಮೊದಲು ಬಿಸಿಯನ್ನೇ ಸಂಶಯಿಸಬೇಕು ಎಂದು ನನಗೆ ಅನ್ನಿಸಿತು.

ಡ್ರಮ್ಮಿನಲ್ಲಿ ನಡೆಸಿದ ಪರೀಕ್ಷೆ

ಎಂಜಿನ್ನನ್ನು ದೋಣಿಯಿಂದ ಇಳಿಸಿ ಮರದ ಸ್ಟ್ಯಾಂಡಿಗೆ ಕಟ್ಟಿ, ಪ್ರೊಪೆಲ್ಲರನ್ನು ಬಿಚ್ಚಿಟ್ಟು, ಕೆಳಭಾಗವನ್ನು ನೀರು ತುಂಬಿದ ದೊಡ್ಡ ಡ್ರಮ್ಮಿನೊಳಗೆ ಇಳಿಸಿದೆವು. ನೀರಿನ ಮಟ್ಟವು ಪ್ರೊಪೆಲ್ಲರಿನ ಮೇಲಿರುವ ಅಡ್ಡ ರೆಕ್ಕೆಗಿಂತ ಒಂದು ಗೇಣು ಮೇಲಿರುವಂತೆ ನೋಡಿಕೊಂಡೆ. ನೀರಿಲ್ಲದೆ ಎಂಜಿನ್ ತಿರುಗಿಸಬಾರದು. ಎಂಜಿನ್ ತಣಿಸಲು ಹೊರಗಿನ ನೀರನ್ನು ಮೇಲೆತ್ತುವ ಪಂಪಿನೊಳಗಿನ ರಬ್ಬರಿಗೆ ನೀರೇ ಎಣ್ಣೆಯ ಕೆಲಸ ಮಾಡುವುದರಿಂದ, ಒಣಗಿದ ಪಂಪು ಅಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ.

ಸೀಮೆಎಣ್ಣೆಯ ಪ್ರಶ್ನೆಯನ್ನು ಬಗೆಹರಿಸಲು ಪೂರ್ತಿ ಪರೀಕ್ಷೆಯನ್ನು ಆಯಿಲ್ ಬೆರೆಸಿದ ಪೆಟ್ರೋಲಿನಲ್ಲೇ ನಡೆಸಿದೆ. ಹೊಸ ಪ್ಲಗ್‌ಗಳನ್ನೂ ಹಾಕಿದ್ದೆ. ಎಂಜಿನ್ ಚೆನ್ನಾಗಿಯೇ ಚಾಲೂ ಆಯಿತು, ಆದರೆ ಹಿಂಬದಿಯ ಸಣ್ಣ ತೂತಿನಿಂದ ಧಾರೆಯಾಗಿ ಚಿಮ್ಮಬೇಕಾದ ನೀರು ತೊಟ್ಟಿಕ್ಕುತ್ತಿತ್ತು. ತೂತೇ ಕಟ್ಟಿರಬಹುದೆಂದು ಎಂಜಿನ್ ನಿಲ್ಲಿಸಿ, ದಪ್ಪ ನೈಲಾನ್ ದಾರದ ತುಂಡನ್ನು ಒಳಗೆ ತೂರಿಸಿ ಆಡಿಸಿದೆ. ಸ್ವಲ್ಪ ಉಪ್ಪಿನ ಹೊಪ್ಪಳೆ ಉದುರಿತೇ ಹೊರತು ಧಾರೆ ಬದಲಾಗಲಿಲ್ಲ. ಈ ಕೆಲಸಕ್ಕೆ ಗಟ್ಟಿ ತಂತಿಯನ್ನು ಬಳಸದಿರುವುದು ಒಳ್ಳೆಯದು, ಏಕೆಂದರೆ ಅದು ಒಳಗಿನ ರಬ್ಬರ್ ಕೊಳವೆಯನ್ನು ಚುಚ್ಚಬಹುದು.

ಮುಂದೆ ಆದದ್ದೇ ಈ ಪರೀಕ್ಷೆಯ ಮುಖ್ಯ ಫಲ. ಗೇರು ನ್ಯೂಟ್ರಲ್‌ನಲ್ಲೇ ಇರಿಸಿ ಥ್ರಾಟಲನ್ನು ಸ್ವಲ್ಪ ಏರಿಸಿದೊಡನೆ ಧಾರೆ ಬಲವಾಯಿತು, ಇಳಿಸಿದೊಡನೆ ಮತ್ತೆ ತೊಟ್ಟಿಕ್ಕಿತು. ಇನ್‌ಫ್ರಾರೆಡ್ ಥರ್ಮಾಮೀಟರನ್ನು ಹೆಡ್ಡಿನ ಮೇಲೆ, ಪ್ಲಗ್ಗಿನ ಹತ್ತಿರ ಬಣ್ಣ ಹೋಗದ ಜಾಗಕ್ಕೆ ಹಿಡಿದೆ. ಹೊಳೆಯುವ ಅಲ್ಯುಮಿನಿಯಂ ಮೇಲೆ ಹಿಡಿದರೆ ಆ ಉಪಕರಣ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ನಿಧಾನಗತಿಯಲ್ಲಿ ಅಂಕಿ ಎಲ್ಲಿಯೂ ನಿಲ್ಲದೆ ಏರಿ 90 ಡಿಗ್ರಿ ಸೆಲ್ಸಿಯಸ್ ಸಮೀಪಿಸಿತು, ಸದ್ದು ಭಾರವಾಯಿತು. ತಾನಾಗಿ ನಿಲ್ಲುವವರೆಗೆ ಕಾಯದೆ ನಾನೇ ಎಂಜಿನ್ ಆರಿಸಿದೆ, ಯಾಕೆಂದರೆ ಆ ಬಿಸಿಯಲ್ಲಿ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಉಜ್ಜುತ್ತಿರುತ್ತದೆ. ಹೆಚ್ಚು ಸುತ್ತಿನಲ್ಲಿ ಆ ಉಜ್ಜಾಟವನ್ನು ಎಂಜಿನ್ ಮೀರಿ ತಿರುಗೀತು. ನಿಧಾನಗತಿಯಲ್ಲಿ ಅಷ್ಟು ಶಕ್ತಿ ಇರದೆ ನಿಂತುಹೋಗುತ್ತದೆ. ಹೀಗೆ ಕಾದ ಹೆಡ್ಡಿಗೆ ತಣ್ಣೀರು ಸುರಿದರೆ ಅದು ಬಾಗುವ ಭಯವಿದೆ, ತಾನಾಗಿ ಆರಲು ಬಿಡಬೇಕು.

ನಿಧಾನದಲ್ಲಿ ಮಾತ್ರ ನೀರು ಕಡಿಮೆಯಾಗುವುದು ಏಕೆ ಎಂಬುದಕ್ಕೆ ಉತ್ತರ ಪಂಪಿನ ರಚನೆಯಲ್ಲಿದೆ. ಕೆಳಗಿನ ಗೇರ್ ಕೇಸಿನ ಮೇಲ್ಭಾಗದಲ್ಲಿ, ಡ್ರೈವ್ ಶಾಫ್ಟಿಗೆ ಸಿಕ್ಕಿಸಿದ ರಬ್ಬರಿನ ಇಂಪೆಲ್ಲರ್ ಒಂದು ಸ್ಟೀಲ್ ಬಟ್ಟಲಿನೊಳಗೆ ತಿರುಗುತ್ತದೆ. ಬಟ್ಟಲಿನ ನಡುವೂ ಶಾಫ್ಟಿನ ನಡುವೂ ಒಂದೇ ಅಲ್ಲ. ಆದ್ದರಿಂದ ರೆಕ್ಕೆಗಳು ಒಂದು ಬದಿಯಲ್ಲಿ ಬಾಗಿ, ಇನ್ನೊಂದು ಬದಿಯಲ್ಲಿ ಬಿಚ್ಚಿಕೊಂಡು, ಪ್ರತಿ ಸುತ್ತಿನಲ್ಲೂ ನೀರನ್ನು ಎಳೆದು ಮೇಲಕ್ಕೆ ಒತ್ತುತ್ತವೆ. ನಿಧಾನಗತಿಯಲ್ಲಿ ಪಂಪು ನಡೆಯುವುದು ರೆಕ್ಕೆಯ ತುದಿ ಬಟ್ಟಲಿಗೆ ಬಿಗಿಯಾಗಿ ತಾಗಿದ್ದರೆ ಮಾತ್ರ. ವೇಗ ಹೆಚ್ಚಿದಾಗ ಒಳಗಿನ ನೀರಿನ ಒತ್ತಡಕ್ಕೆ ರೆಕ್ಕೆಗಳು ಗೋಡೆಯಿಂದ ಸ್ವಲ್ಪ ಸರಿಯುತ್ತವೆ, ಆಗ ನೀರು ಮುಖ್ಯವಾಗಿ ತಿರುಗುವ ರಭಸದಿಂದಲೇ ಮೇಲೇರುತ್ತದೆ. ಹಾಗಾಗಿ ಸವೆದ ಇಂಪೆಲ್ಲರ್ ಮೊದಲು ಕೈಕೊಡುವುದು ನಿಧಾನಗತಿಯಲ್ಲಿ. ನೀರು ಎಳೆಯುವ ಜಾಲರಿಗೆ ಪ್ಲಾಸ್ಟಿಕ್ಕೋ ಪಾಚಿಯೋ ಕಟ್ಟಿದ್ದರೆ ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿ, ಹೆಚ್ಚು ವೇಗದಲ್ಲಿ ಬಿಸಿ ಏರುತ್ತದೆ.

ಪಂಪ್ ಬಿಚ್ಚಿದಾಗ ಕಂಡದ್ದು

ಪ್ಲಗ್ಗಿನ ವಯರುಗಳನ್ನು ಕಳಚಿ, ಗೇರ್ ಬದಲಿಸುವ ಸಲಾಕೆಯ ಜೋಡಣೆಯನ್ನು ಸಡಿಲಿಸಿ, ಗೇರ್ ಕೇಸನ್ನು ಹಿಡಿದಿರುವ ಬೋಲ್ಟುಗಳನ್ನು ತೆಗೆದೆ. ಉಪ್ಪು ಹಿಡಿದ ಬೋಲ್ಟುಗಳನ್ನು ಬಲದಿಂದ ತಿರುಗಿಸಿದರೆ ಅಲ್ಯುಮಿನಿಯಂ ಒಳಗೆ ಮುರಿಯುತ್ತವೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಟ್ಟದ್ದರಿಂದ ಎಲ್ಲವೂ ಸಲೀಸಾಗಿ ಬಂದವು. ಗೇರ್ ಕೇಸ್ ಕೆಳಗೆ ಜಾರಿದ ಮೇಲೆ ಪಂಪಿನ ಮನೆಯ ನಾಲ್ಕು ಬೋಲ್ಟು ತೆಗೆದರೆ ಇಂಪೆಲ್ಲರ್ ಎದುರಿಗಿರುತ್ತದೆ.

ಇದ್ದ ಆರು ರೆಕ್ಕೆಗಳೂ ಒಂದೇ ದಿಕ್ಕಿಗೆ ಬಾಗಿ ಗಟ್ಟಿಯಾಗಿದ್ದವು, ಬೆರಳಿನಿಂದ ನೇರ ಮಾಡಿ ಬಿಟ್ಟರೂ ಮರಳಿ ಮಲಗುತ್ತಿದ್ದವು. ಅವುಗಳ ತುದಿಯ ಉಬ್ಬು ಸವೆದು ಚಪ್ಪಟೆಯಾಗಿತ್ತು, ಎರಡರ ಬುಡದಲ್ಲಿ ಬಿರುಕು ಕಾಣುತ್ತಿತ್ತು, ಒಂದರ ತುದಿಯಿಂದ ಕಿರುಬೆರಳಿನ ಉಗುರಿನಷ್ಟು ರಬ್ಬರ್ ಕಿತ್ತುಹೋಗಿತ್ತು. ಸ್ಟೀಲ್ ಬಟ್ಟಲಿನ ಒಳಗೋಡೆಯಲ್ಲೂ ತಳದ ತಟ್ಟೆಯಲ್ಲೂ ಸುತ್ತಲೂ ಗೀರುಗಳಿದ್ದವು. ತಟ್ಟೆಯ ಮೇಲೆ ಉಗುರು ಎಳೆದಾಗ ಗೀರಿಗೆ ಸಿಕ್ಕಿಕೊಂಡಿತು. ಉಗುರು ಸಿಕ್ಕುವಷ್ಟು ಆಳದ ಗೀರಿದ್ದರೆ ಹೊಸ ಇಂಪೆಲ್ಲರ್ ಹಾಕಿದರೂ ನೀರು ಆ ಸಂದಿಯಿಂದ ಹಿಂದಕ್ಕೆ ಜಾರುತ್ತದೆ, ಹಾಗಾಗಿ ಬಟ್ಟಲು, ತಟ್ಟೆ, ಇಂಪೆಲ್ಲರನ್ನು ಶಾಫ್ಟಿಗೆ ಹಿಡಿಸುವ ಕೀ, ಪ್ಯಾಕಿಂಗ್ ಎಲ್ಲ ಇರುವ ಪೂರ್ಣ ಕಿಟ್ಟನ್ನೇ ತರಿಸಿದೆ. ಗೀರು ಬಿದ್ದದ್ದು ಮರಳಿನಿಂದ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಪಂಚಗಂಗಾವಳಿಯ ನೀರು ಕಡಲು ಸೇರುವ ನಮ್ಮ ಅಳಿವೆಯಲ್ಲಿ ಮಳೆಗಾಲದ ಉದ್ದಕ್ಕೂ ಮರಳು ಕದಡಿರುತ್ತದೆ, ದೋಣಿಗಳು ಅಲ್ಲಿ ಆಳ ಕಡಿಮೆಯಿರುವ ಕಡೆಯೂ ಸಾಗಬೇಕಾಗುತ್ತದೆ.

ಕಿತ್ತುಹೋದ ತುಂಡನ್ನು ಹುಡುಕದೆ ಪಂಪು ಜೋಡಿಸುವಂತಿರಲಿಲ್ಲ. ಅದು ನೀರಿನ ಜೊತೆ ಮೇಲೇರಿ ಎಲ್ಲೋ ಸಿಕ್ಕಿಕೊಂಡಿದ್ದರೆ ಹೊಸ ಪಂಪು ಕೊಡುವ ನೀರನ್ನೂ ತಡೆಯುತ್ತದೆ. ಬಿಸಿಗೆ ತಕ್ಕಂತೆ ನೀರಿನ ದಾರಿಯನ್ನು ತೆರೆದು ಮುಚ್ಚುವ ಥರ್ಮೋಸ್ಟಾಟ್ ಹೆಡ್ಡಿನ ಮೇಲಿದೆ; ಅದರ ಮುಚ್ಚಳ ಬಿಚ್ಚಿ, ಥರ್ಮೋಸ್ಟಾಟ್ ಹೊರತೆಗೆದು, ಆ ದಾರಿಯಿಂದ ಸಿಹಿನೀರಿನ ಪೈಪನ್ನು ಹಿಡಿದು ಎಂಜಿನ್ನಿನೊಳಗೆ ನೀರನ್ನು ಹಿಮ್ಮುಖವಾಗಿ ಹಾಯಿಸಿದೆ. ಮೊದಲು ಬೂದುಬಣ್ಣದ ಕೆಸರು, ಆಮೇಲೆ ಉಪ್ಪಿನ ಚಕ್ಕೆಗಳು, ಕೊನೆಗೆ ನೀರಿನ ತಾಮ್ರದ ಕೊಳವೆಯ ಕೆಳಬಾಯಿಂದ ಆ ರಬ್ಬರಿನ ತುಂಡು ಬಿದ್ದಿತು. ಅದನ್ನು ಒಡೆದ ರೆಕ್ಕೆಯ ಅಂಚಿಗೆ ಹಿಡಿದು ನೋಡಿದೆ, ಸರಿಯಾಗಿ ಕೂತಿತು. ಇನ್ನೇನೂ ಒಳಗೆ ಉಳಿದಿಲ್ಲವೆಂದು ಆಗಲೇ ನಿಶ್ಚಿಂತೆಯಾದದ್ದು.

ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ, ಒಲೆಯ ಮೇಲಿನ ಪಾತ್ರೆಯ ನೀರಿನಲ್ಲಿ ತಳ ಮುಟ್ಟದಂತೆ ತೂಗುಬಿಟ್ಟು, ಥರ್ಮಾಮೀಟರ್ ಇರಿಸಿ ಕಾಯಿಸಿದೆ. 50 ಡಿಗ್ರಿಯ ಆಸುಪಾಸಿನಲ್ಲಿ ಅದು ತೆರೆಯತೊಡಗಿತು, ತಣಿದಾಗ ಪೂರ್ತಿ ಮುಚ್ಚಿಕೊಂಡಿತು. ಉಪ್ಪು ತೊಳೆದು ಹೊಸ ಪ್ಯಾಕಿಂಗ್‌ನೊಂದಿಗೆ ಅದನ್ನೇ ಮರಳಿ ಕೂರಿಸಿದೆ. ಬಿಸಿಯಾಗುತ್ತದೆಂದು ಥರ್ಮೋಸ್ಟಾಟನ್ನೇ ತೆಗೆದುಬಿಡುವವರು ನಮ್ಮಲ್ಲಿ ಇದ್ದಾರೆ. ಆದರೆ ಸೀಮೆಎಣ್ಣೆಯ ಎಂಜಿನ್ನಿಗೆ ಅದು ಬೇಕೇ ಬೇಕು, ಏಕೆಂದರೆ ಎಂಜಿನ್ ತಣ್ಣಗಿದ್ದಷ್ಟೂ ಸೀಮೆಎಣ್ಣೆ ಸರಿಯಾಗಿ ಉರಿಯದೆ ಪ್ಲಗ್ ಕೊಳೆಯಾಗುತ್ತದೆ.

ಮರುಜೋಡಣೆ

ಹೊಸ ಇಂಪೆಲ್ಲರನ್ನು ಕೂರಿಸುವಾಗ ಬಟ್ಟಲಿನೊಳಗೆ ಸಾಬೂನು ನೀರು ಸವರಿದೆ. ಕೀ ಜಾರದಂತೆ ಚೂರು ಗ್ರೀಸ್ ಹಚ್ಚಿ ಶಾಫ್ಟಿನ ತೋಡಿನಲ್ಲಿ ನಿಲ್ಲಿಸಿ, ಇಂಪೆಲ್ಲರನ್ನು ಅದರ ಮೇಲೆ ಇಳಿಸಿ, ಪಂಪಿನ ಮನೆಯನ್ನು ಒತ್ತುತ್ತಲೇ ಶಾಫ್ಟನ್ನು ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದೆ. ಎಂಜಿನ್ ಓಡುವಾಗ ಶಾಫ್ಟು ತಿರುಗುವುದೂ ಅದೇ ದಿಕ್ಕಿಗೆ, ಆದ್ದರಿಂದ ರೆಕ್ಕೆಗಳು ಸರಿಯಾದ ಕಡೆಗೇ ಬಾಗುತ್ತವೆ. ಆಮೇಲೆ ಶಾಫ್ಟನ್ನು ಹಿಂದಕ್ಕೆ ತಿರುಗಿಸಲಿಲ್ಲ.

ಗೇರ್ ಕೇಸನ್ನು ಮೇಲಕ್ಕೆ ಏರಿಸುವ ಕೆಲಸಕ್ಕೆ ಇಬ್ಬರು ಬೇಕು. ಮಾವ ಕೆಳಗಿನಿಂದ ಎತ್ತಿ ಹಿಡಿದರು, ನಾನು ಟಾರ್ಚ್ ಹಿಡಿದು ನೀರಿನ ಕೊಳವೆಯ ತುದಿ ಪಂಪಿನ ಮೇಲಿನ ರಬ್ಬರ್ ಬಾಯಿಯೊಳಗೆ ಇಳಿಯುವುದನ್ನು ನೋಡುತ್ತಿದ್ದೆ. ಆ ಕೊಳವೆ ಪಕ್ಕಕ್ಕೆ ಸರಿದರೂ ಬೋಲ್ಟುಗಳು ಕೂತೇಬಿಡುತ್ತವೆ, ಹೊರಗಿನಿಂದ ಏನೂ ತಿಳಿಯುವುದಿಲ್ಲ, ನೀರು ಮಾತ್ರ ಎಂಜಿನ್ನಿಗೆ ಏರುವುದಿಲ್ಲ. ಶಾಫ್ಟಿನ ಹಲ್ಲುಗಳು ಹೊಂದದಿದ್ದಾಗ ಫ್ಲೈವೀಲನ್ನು ಮುಂದಿನ ದಿಕ್ಕಿಗೇ ಸ್ವಲ್ಪ ತಿರುಗಿಸಿದರೆ ಸಾಕು. ಕೊನೆಯಲ್ಲಿ ಸಲಾಕೆ ಜೋಡಿಸಿ ಮುಂದೆ, ನ್ಯೂಟ್ರಲ್, ಹಿಂದೆ ಮೂರೂ ಗೇರು ಬೀಳುವುದನ್ನು ಕೈಯಲ್ಲೇ ಪರೀಕ್ಷಿಸಿದೆವು.

ಫಲಿತಾಂಶ ಮತ್ತು ಉಳಿದ ಕೆಲಸ

ಡ್ರಮ್ಮಿನಲ್ಲಿ ಚಾಲೂ ಮಾಡಿದ ಕೆಲವೇ ಕ್ಷಣಗಳಲ್ಲಿ, ಅತಿ ನಿಧಾನಗತಿಯಲ್ಲೇ, ಧಾರೆ ಒಂದು ಅಡಿ ದೂರಕ್ಕೆ ಚಿಮ್ಮಿತು. ಮೊದಲು ಒಂದು ನಿಮಿಷದಲ್ಲಿ ಅರ್ಧ ಲೀಟರಿನ ಬಾಟಲಿಯ ಅರ್ಧವೂ ತುಂಬುತ್ತಿರಲಿಲ್ಲ, ಈಗ ಅಷ್ಟೇ ಹೊತ್ತಿನಲ್ಲಿ ಒಂದು ಲೀಟರಿಗಿಂತ ಹೆಚ್ಚು ಬಂತು. ಹೆಡ್ಡಿನ ಬಿಸಿ 60 ಡಿಗ್ರಿಯ ಒಳಗೇ ನಿಂತು ಏರಲಿಲ್ಲ. ಧಾರೆಯೊಂದನ್ನೇ ನಂಬಿ ಕೂರಬಾರದೆಂದು ಎರಡನ್ನೂ ಅಳೆದೆ, ಏಕೆಂದರೆ ಆ ಧಾರೆ ಮುಖ್ಯ ಹರಿವಿನ ಒಂದು ಸಣ್ಣ ಕವಲು. ಪಂಪು ನೀರೆತ್ತುತ್ತಿದೆ ಎಂಬುದನ್ನು ಅದು ಹೇಳುತ್ತದೆ, ಹೆಡ್ಡಿನ ಒಳದಾರಿಗಳಲ್ಲಿ ಉಪ್ಪು ಕಟ್ಟಿದೆಯೇ ಎಂಬುದನ್ನು ಹೇಳುವುದಿಲ್ಲ.

ನೀರಿಗಿಳಿಸಿದ ಮೇಲೆ ಬಿಸಿಯ ತೊಂದರೆ ಪೂರ್ತಿ ಹೋಗಿದೆ. ಬಲೆ ಬಿಡುವಾಗಲೂ ಎಂಜಿನ್ ನಿಲ್ಲುವುದಿಲ್ಲ. ಆದರೆ ಸೀಮೆಎಣ್ಣೆಯಲ್ಲಿ ಅತಿ ನಿಧಾನಕ್ಕೆ ಇಳಿಸಿದಾಗ ಇನ್ನೂ ಸಣ್ಣಗೆ ತಡವರಿಸುತ್ತದೆ, ಚೋಕನ್ನು ಚೂರು ಎಳೆದರೆ ಸರಿಯಾಗುತ್ತದೆ. ಇದು ಬಿಸಿಯ ಲಕ್ಷಣವಲ್ಲ, ಎಂಜಿನ್ ತಣ್ಣಗಿದ್ದಾಗಲೂ ಹಾಗೆಯೇ ಆಗುತ್ತದೆ. ಚೋಕ್ ಎಳೆದಾಗ ಸುಧಾರಿಸುವುದೆಂದರೆ ನಿಧಾನಗತಿಯಲ್ಲಿ ಇಂಧನ ಕಡಿಮೆ ಬರುತ್ತಿದೆ ಎಂದರ್ಥ, ಅಂದರೆ ಕಾರ್ಬ್ಯುರೇಟರಿನ ಸ್ಲೋ ಜೆಟ್ಟಿನಲ್ಲಿ ಅಂಟು ಕಟ್ಟಿರಬೇಕು. ಮುಂದಿನ ವಾರ ಕಾರ್ಬ್ಯುರೇಟರ್ ಇಳಿಸಿ, ಜೆಟ್ಟನ್ನು ಕ್ಲೀನರಿನಲ್ಲಿ ನೆನೆಸಿ, ಗಾಳಿ ಹಾಯಿಸಿ ತೆರವು ಮಾಡಲಿದ್ದೇನೆ. ಅಲ್ಲಿಯವರೆಗೆ ದಕ್ಕೆಗೆ ಮರಳುವ ಕೊನೆಯ ಐದು ನಿಮಿಷ ಪೆಟ್ರೋಲಿಗೆ ತಿರುಗಿಸಿ, ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿಯದಂತೆ ಮಾಡಿಯೇ ಎಂಜಿನ್ ಆರಿಸುತ್ತಿದ್ದೇವೆ.