ಶನಿವಾರದ ಆರ್ಸೆನಿಕ್: 9 ಎಂದು ತೋರಿಸಿದ ನೀರು 21 ಆದದ್ದು ಹೇಗೆ

ಮೊದಲ ಶನಿವಾರ, ಜನವರಿ

ಲಿಂಗಸುಗೂರು ಕಡೆಯ ಊರಿನಿಂದ ಭಾವನವರು ರಾತ್ರಿ ಬಸ್ಸಿನಲ್ಲಿ ಪುಣೆಗೆ ಬರುವಾಗ ಎರಡು ಬಾಟಲಿ ಬೋರ್‌ವೆಲ್ ನೀರು ತಂದರು. ಹಟ್ಟಿಯ ಚಿನ್ನದ ಗಣಿ ಅವರ ಹೊಲದಿಂದ ದೂರವೇನಲ್ಲ. ಅಲ್ಲಿಯ ಅದಿರಿನಲ್ಲಿ ಆರ್ಸೆನೋಪೈರೈಟ್ ಇರುವುದರಿಂದ ಅಂತರ್ಜಲದ ಬಗ್ಗೆ ಅನುಮಾನ ಪಡುವುದು ತಪ್ಪಲ್ಲ. ಬಾಟಲಿಗಳನ್ನು ಹೋದ ಸಲವೇ ಕೊಟ್ಟು ಕಳಿಸಿದ್ದೆ, ಒಳಗೆ ಒಂದಿಷ್ಟು ಹೈಡ್ರೋಕ್ಲೋರಿಕ್ ಆಮ್ಲ ಹಾಕಿಯೇ. ಆಮ್ಲವಿಲ್ಲದೆ ಬೋರ್ ನೀರನ್ನು ಇಟ್ಟರೆ ಅದರಲ್ಲಿನ ಕಬ್ಬಿಣ ತುಕ್ಕಿನ ಬಣ್ಣದ ಗಸಿಯಾಗಿ ತಳ ಸೇರುತ್ತದೆ, ಆರ್ಸೆನಿಕ್ಕನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಆಮೇಲೆ ಮೇಲಿನ ತಿಳಿ ನೀರನ್ನು ಅಳೆದರೆ ಏನೂ ಸಿಗುವುದಿಲ್ಲ.

ನಾನು ಹಿಂದೆ ಕೆಲಸ ಮಾಡಿದ್ದ ಕಾಲೇಜಿನಲ್ಲಿ ಪರಮಾಣುಗಳು ಎಷ್ಟು ಬೆಳಕು ಹೀರುತ್ತವೆ ಎಂಬುದರಿಂದ ಅವುಗಳ ಪ್ರಮಾಣ ಅಳೆಯುವ ಅಟಾಮಿಕ್ ಅಬ್ಸಾರ್ಪ್ಶನ್ ಯಂತ್ರ ಶನಿವಾರ ಮಧ್ಯಾಹ್ನ ಖಾಲಿ ಇರುತ್ತದೆ. ಪ್ರಯೋಗಾಲಯ ನೋಡಿಕೊಳ್ಳುವವರು ವಿಜಯಪುರದವರು, ಹಾಗಾಗಿ ಅನುಮತಿ ಪತ್ರಕ್ಕಿಂತ ಮೊದಲು ಚಹಾ ಬಂತು.

ಕುಡಿಯುವ ನೀರಿಗೆ ಭಾರತೀಯ ಮಾನಕ 10500 ಒಪ್ಪುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ. ನೀರನ್ನು ಹಾಗೆಯೇ ಜ್ವಾಲೆಗೆ ಸಿಂಪಡಿಸಿದರೆ ಇಷ್ಟು ಸಣ್ಣ ಪ್ರಮಾಣ ಕಾಣುವುದೇ ಇಲ್ಲ. ಆರ್ಸೆನಿಕ್ ಬೆಳಕು ಹೀರುವ 193.7 ನ್ಯಾನೋಮೀಟರ್ ತರಂಗಾಂತರದಲ್ಲಿ ಜ್ವಾಲೆಯೇ ಬಹುಪಾಲು ಬೆಳಕನ್ನು ನುಂಗುತ್ತದೆ. ಅದಕ್ಕಾಗಿ ಆರ್ಸೆನಿಕ್ಕನ್ನು ಮಾತ್ರ ಅನಿಲವಾಗಿಸಿ ನೀರಿನಿಂದ ಹೊರತೆಗೆಯುವ ಉಪಾಯ: ಆಮ್ಲದಲ್ಲಿ ಸೋಡಿಯಂ ಬೋರೋಹೈಡ್ರೈಡ್ ಬೆರೆತಾಗ ಆರ್ಸೀನ್ ಅನಿಲ ಹುಟ್ಟುತ್ತದೆ, ಆರ್ಗಾನ್ ಅದನ್ನು ಬಿಸಿ ಕ್ವಾರ್ಟ್ಸ್ ನಳಿಕೆಗೆ ಒಯ್ಯುತ್ತದೆ, ಅಲ್ಲಿ ಒಡೆದು ಬಿಡಿ ಪರಮಾಣುಗಳಾಗುತ್ತದೆ. ಉಪ್ಪು, ಸುಣ್ಣ ಎಲ್ಲ ಹಿಂದೆಯೇ ಉಳಿಯುತ್ತವೆ. ಆರ್ಸೀನ್ ಬಲು ವಿಷ. ಬರ್ನರಿನ ಮೇಲಿನ ಹೊಗೆ ಕೊಳವೆ ಎಳೆಯುತ್ತಿದೆಯೇ ಎಂದು ಟಿಶ್ಯೂ ಕಾಗದ ಹಿಡಿದು ನೋಡಿದ ಮೇಲೆಯೇ ಪಂಪ್ ಹಾಕಿದ್ದು.

ಇವತ್ತಿನ ಕೆಲಸ ಹೀಗಿತ್ತು. 50 ಮಿಲಿಲೀಟರ್ ಅಳತೆ ಫ್ಲಾಸ್ಕಿಗೆ 25 ಮಿಲಿಲೀಟರ್ ನೀರು, 2.5 ಮಿಲಿಲೀಟರ್ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ, ಬಳಿಕ ಪೊಟ್ಯಾಸಿಯಂ ಅಯೋಡೈಡ್ ಶೇ. 10, ಆಸ್ಕಾರ್ಬಿಕ್ ಆಮ್ಲ ಶೇ. 5 ಇರುವ ದ್ರಾವಣ 5 ಮಿಲಿಲೀಟರ್. ಗುರುತಿನವರೆಗೆ ನೀರು ತುಂಬಿ ಹತ್ತು ನಿಮಿಷ ಬಿಟ್ಟು ಯಂತ್ರಕ್ಕೆ ಕೊಟ್ಟೆ. ಆರ್ಸೆನಿಕ್ ಎಷ್ಟಿದೆಯೆಂದು ಮೊದಲೇ ಗೊತ್ತಿರುವ ಮಾನಕ ದ್ರಾವಣಗಳಿಗೂ ಅದೇ ಉಪಚಾರ. ಅವುಗಳ ಪ್ರಮಾಣಕ್ಕೆ ಯಂತ್ರದ ಸಂಕೇತವನ್ನು ಹೊಂದಿಸಿದ ರೇಖೆ ದಾರ ಎಳೆದಂತೆ ನೇರವಾಗಿ ಬಂತು. ಊರಿನ ನೀರು ಫ್ಲಾಸ್ಕಿನಲ್ಲಿ 4.5, ಎರಡು ಪಟ್ಟು ತೆಳುವಾಗಿರುವುದರಿಂದ ಮೂಲದಲ್ಲಿ 9 ಮೈಕ್ರೋಗ್ರಾಂ. ಮಿತಿಗಿಂತ ಒಂದೇ ಒಂದು ಕೆಳಗೆ.

ಭಾವನವರು ಫೋನಿನಲ್ಲಿ ಕೇಳಿದರು: "ಏನಪ್ಪ, ಕುಡಿಯಬಹುದೋ ಇಲ್ಲವೋ?" ಇನ್ನೊಂದು ವಾರ ಕೊಡಿ ಎಂದೆ. 9 ಎಂಬ ಅಂಕಿಯ ಮೇಲೆ ಯಾಕೋ ನನಗೆ ನಂಬಿಕೆ ಕೂರಲಿಲ್ಲ.

ಎರಡನೆಯ ಶನಿವಾರ

ಮಾದರಿಗೆ ಗೊತ್ತಿರುವಷ್ಟು ಆರ್ಸೆನಿಕ್ ಸೇರಿಸಿ, ಸೇರಿಸಿದ್ದು ಪೂರ್ತಿ ಮರಳಿ ಸಿಗುತ್ತದೆಯೇ ಎಂದು ನೋಡುವುದು ಈ ಬಗೆಯ ಅನುಮಾನಕ್ಕೆ ಮೊದಲ ಮದ್ದು. ಆದರೆ ಯಾವ ಆರ್ಸೆನಿಕ್ ಸೇರಿಸುವುದು? ನೀರಿನಲ್ಲಿ ಅದು ಎರಡು ಸ್ಥಿತಿಗಳಲ್ಲಿರುತ್ತದೆ. ಮೂರರ ವೇಲೆನ್ಸಿಯದ್ದು ಆರ್ಸೆನೈಟ್, ಐದರ ವೇಲೆನ್ಸಿಯದ್ದು ಆರ್ಸೆನೇಟ್. ಗಾಳಿ ಚೆನ್ನಾಗಿ ಬೆರೆತ ನೀರಿನಲ್ಲಿ ಐದರದ್ದೇ ಹೆಚ್ಚು. ಕಪಾಟಿನಲ್ಲಿದ್ದ ಹಳೆಯ ಮಾನಕದ ಬಾಟಲಿಯ ಚೀಟಿಯನ್ನು ಆಗ ಸರಿಯಾಗಿ ಓದಿದೆ: ಲೀಟರಿಗೆ 1.320 ಗ್ರಾಂ ಆರ್ಸೆನಿಕ್ ಟ್ರೈಆಕ್ಸೈಡ್. ಅಂದರೆ ನನ್ನ ಇಡೀ ರೇಖೆ ಮೂರರ ಆರ್ಸೆನಿಕ್ಕಿನದು.

ಹಾಗಾಗಿ ಐದರದ್ದನ್ನೂ ಮಾಡಿಕೊಂಡೆ. ಏಳು ಅಣು ನೀರಿರುವ ಡೈಸೋಡಿಯಂ ಹೈಡ್ರೋಜನ್ ಆರ್ಸೆನೇಟ್ 0.4165 ಗ್ರಾಂ, 100 ಮಿಲಿಲೀಟರಿಗೆ. ಇದು ಲೀಟರಿಗೆ 1000 ಮಿಲಿಗ್ರಾಂ ಆರ್ಸೆನಿಕ್. ಅದನ್ನು ಹಂತ ಹಂತವಾಗಿ ತೆಳುಗೊಳಿಸಿ, ಊರಿನ ನೀರಿನ ಒಂದು ಫ್ಲಾಸ್ಕಿಗೆ 5 ಮೈಕ್ರೋಗ್ರಾಂ ಮಟ್ಟದಷ್ಟು ಐದರದ್ದು, ಇನ್ನೊಂದಕ್ಕೆ ಅಷ್ಟೇ ಮೂರರದ್ದು ಸೇರಿಸಿದೆ. ಉಳಿದದ್ದೆಲ್ಲ ಹಿಂದಿನ ವಾರದಂತೆಯೇ.

ಏನೂ ಸೇರಿಸದ್ದು 4.5. ಮೂರರದ್ದು ಸೇರಿಸಿದ್ದು 9.4, ಅಂದರೆ ಶೇ. 98 ಮರಳಿತು. ಐದರದ್ದು ಸೇರಿಸಿದ್ದು 6.7, ಅಂದರೆ ಶೇ. 44 ಮಾತ್ರ.

ಈ ಒಂದು ಜೋಡಿ ಅಂಕಿಗಳೇ ರೋಗವನ್ನು ಹೇಳಿಬಿಟ್ಟವು. ನೀರಿನಲ್ಲಿ ತಾಮ್ರವೋ ನಿಕ್ಕಲ್ಲೋ ಇದ್ದು ಆರ್ಸೀನ್ ಹುಟ್ಟುವುದನ್ನೇ ತಡೆಯುತ್ತಿದ್ದರೆ ಎರಡೂ ಕಡಿಮೆಯಾಗಬೇಕಿತ್ತು. ಮೂರರದ್ದು ಸಂಪೂರ್ಣ ಮರಳಿ ಐದರದ್ದು ಮಾತ್ರ ಕುಗ್ಗಿದೆ ಎಂದರೆ ಐದನ್ನು ಮೂರಕ್ಕೆ ಇಳಿಸುವ ಕೆಲಸ, ಅಂದರೆ ಪೂರ್ವ ಅಪಕರ್ಷಣ, ಅರ್ಧಕ್ಕೇ ನಿಂತಿದೆ. ರೇಖೆಯ ಸೊಬಗಿನಿಂದ ಇದು ಎಂದೂ ಗೊತ್ತಾಗುತ್ತಿರಲಿಲ್ಲ: ಮಾನಕದಲ್ಲಿ ಇಳಿಸಬೇಕಾದದ್ದೇ ಇರಲಿಲ್ಲವಲ್ಲ!

ಪ್ರಯೋಗಾಲಯದವರು ಒಂದು ಒಳ್ಳೆಯ ಪ್ರಶ್ನೆ ಕೇಳಿದರು: "ಸರ್, ಬೋರೋಹೈಡ್ರೈಡ್ ಅಷ್ಟು ಜೋರಿನ ಅಪಕರ್ಷಕ. ಅದೇ ಐದನ್ನೂ ಇಳಿಸಬೇಕಲ್ಲವೇ?" ಇಳಿಸುತ್ತದೆ, ಆದರೆ ನಿಧಾನವಾಗಿ. ಈ ಯಂತ್ರದಲ್ಲಿ ಮಾದರಿ, ಆಮ್ಲ, ಬೋರೋಹೈಡ್ರೈಡ್ ಮೂರೂ ಕೊಳವೆಯಲ್ಲಿ ಕೂಡಿ, ಸುರುಳಿ ದಾಟಿ, ಅನಿಲ ಬೇರ್ಪಡುವ ಪಾತ್ರೆ ತಲುಪಲು ಕೆಲವೇ ಸೆಕೆಂಡು. ಅಷ್ಟರಲ್ಲಿ ಮೂರರದ್ದೆಲ್ಲ ಆರ್ಸೀನ್ ಆಗಿ ಹಾರಿರುತ್ತದೆ, ಐದರದ್ದರಲ್ಲಿ ಒಂದು ಭಾಗ ನೀರಿನೊಡನೆ ತ್ಯಾಜ್ಯದ ಡಬ್ಬಕ್ಕೆ ಹೋಗುತ್ತದೆ. ಇಲ್ಲಿ ಕೊರತೆ ಜೋರಿನದಲ್ಲ, ಹೊತ್ತಿನದು. ಅದಕ್ಕಾಗಿಯೇ ಎರಡು ಅಪಕರ್ಷಕಗಳು: ಫ್ಲಾಸ್ಕಿನಲ್ಲಿ ಸಾವಕಾಶವಾಗಿ ಐದನ್ನು ಮೂರಕ್ಕೆ ತರಲು ಅಯೋಡೈಡ್, ಯಂತ್ರದೊಳಗೆ ಮೂರನ್ನು ಆರ್ಸೀನ್ ಮಾಡಲು ಬೋರೋಹೈಡ್ರೈಡ್.

ಮೂರನೆಯ ಶನಿವಾರ

ನನ್ನ ತಪ್ಪು ಎಲ್ಲಿತ್ತು ಎಂದು ವಾರವಿಡೀ ಯೋಚಿಸಿದೆ. ಸಮೀಕರಣ ಬರೆದಾಗ ಕಂಡಿತು:

```
H3AsO4 + 2 I⁻ + 2 H⁺ ⇌ H3AsO3 + I2 + H2O
```

ಎಡಗಡೆ ಆಮ್ಲವಿದೆ, ಮಧ್ಯದ ಬಾಣ ಎರಡೂ ಕಡೆಗೆ ಇದೆ. ಆಮ್ಲ ಕಡಿಮೆಯಾದರೆ ಕ್ರಿಯೆ ಕುಂಟುತ್ತದೆ. ನಾನು 2.5 ಮಿಲಿಲೀಟರ್ ಆಮ್ಲ ಸಾಕೆಂದುಕೊಂಡದ್ದಕ್ಕೆ ಕಾರಣ, ಯಂತ್ರವೇ ಬೇರೊಂದು ಕೊಳವೆಯಿಂದ ಗಟ್ಟಿ ಆಮ್ಲ ಬೆರೆಸುತ್ತದೆ ಎಂಬ ಲೆಕ್ಕಾಚಾರ. ಆ ಆಮ್ಲ ಬರುವುದು ಬೋರೋಹೈಡ್ರೈಡಿಗಿಂತ ಒಂದೆರಡು ಕ್ಷಣ ಮೊದಲು. ಊಟ ಮುಗಿದು ಕೈ ತೊಳೆದ ಮೇಲೆ ಸಾರು ಬಡಿಸಿದ ಹಾಗೆ. ಅಯೋಡೈಡಿಗೆ ಆಮ್ಲ ಬೇಕಾದದ್ದು ಫ್ಲಾಸ್ಕಿನಲ್ಲಿ.

ಆಸ್ಕಾರ್ಬಿಕ್ ಆಮ್ಲದ ಪಾತ್ರವೂ ಇದೇ ಸಮೀಕರಣದಲ್ಲಿದೆ. ಬಲಗಡೆ ಹುಟ್ಟುವ ಅಯೋಡಿನ್ ಉಳಿದುಕೊಂಡರೆ ಕ್ರಿಯೆಯನ್ನು ಹಿಂದಕ್ಕೆ ತಳ್ಳುತ್ತದೆ, ಮುಂದೆ ಬೋರೋಹೈಡ್ರೈಡನ್ನೂ ತಿಂದುಹಾಕುತ್ತದೆ. ವಿಟಮಿನ್ ಸಿ ಅದನ್ನು ಹುಟ್ಟಿದಂತೆಯೇ ಅಯೋಡೈಡ್ ಆಗಿ ಮರಳಿಸುತ್ತದೆ. ಇದು ಕಣ್ಣಿಗೇ ಕಾಣುವ ಸಂಗತಿ. ನಮ್ಮ ಮನೆಯ ನಲ್ಲಿಯ ನೀರಿಗೆ ಬರಿಯ ಆಮ್ಲ ಮತ್ತು ಅಯೋಡೈಡ್ ಹಾಕಿದಾಗ ಅದರಲ್ಲಿನ ಕ್ಲೋರಿನ್‌ನಿಂದ ತೆಳು ಹಳದಿ ಬಂತು, ಆಸ್ಕಾರ್ಬಿಕ್ ಆಮ್ಲ ಬಿದ್ದ ಕೂಡಲೇ ತಿಳಿಯಾಯಿತು. ಕಾಯುವ ಹೊತ್ತಿನಲ್ಲಿ ಫ್ಲಾಸ್ಕ್ ಮತ್ತೆ ಹಳದಿಯಾದರೆ ಆಸ್ಕಾರ್ಬಿಕ್ ಆಮ್ಲ ಮುಗಿದಿದೆ ಎಂದರ್ಥ. ಆ ಫ್ಲಾಸ್ಕನ್ನು ಅಳೆಯಬಾರದು. ನೈಟ್ರಿಕ್ ಆಮ್ಲ ಹಾಕಿಟ್ಟ ಮಾದರಿಗಳಲ್ಲಿ ಈ ಕಾಟ ಹೆಚ್ಚು, ಹಾಗಾಗಿಯೇ ಬಾಟಲಿಗೆ ಹೈಡ್ರೋಕ್ಲೋರಿಕ್ ಹಾಕಿದ್ದು.

ಆಮ್ಲವನ್ನು 12.5 ಮಿಲಿಲೀಟರಿಗೆ ಏರಿಸಿದೆ. ಫ್ಲಾಸ್ಕಿನಲ್ಲಿ ಸುಮಾರು 3 ಮೋಲಾರ್. ಐದರ ಆರ್ಸೆನಿಕ್ ಮಾತ್ರ ಇರುವ ದ್ರಾವಣವನ್ನು ಮಾಡಿ, ಬೇರೆ ಬೇರೆ ಹೊತ್ತಿಗೆ ಅಳೆದು, ಅಷ್ಟೇ ಪ್ರಮಾಣದ ಮೂರರದ್ದಕ್ಕೆ ಹೋಲಿಸಿದೆ. 5 ನಿಮಿಷಕ್ಕೆ ಶೇ. 60, ಕಾಲು ಗಂಟೆಗೆ 82, ಅರ್ಧ ಗಂಟೆಗೆ 96. ಮುಕ್ಕಾಲು ಗಂಟೆಗೆ ಎರಡೂ ಸಮ, ಒಂದು ಗಂಟೆಗೂ ಅದೇ. ಹಳೆಯ 2.5 ಮಿಲಿಲೀಟರ್ ಆಮ್ಲದ ಫ್ಲಾಸ್ಕನ್ನೂ ಪಕ್ಕದಲ್ಲಿಟ್ಟಿದ್ದೆ. ಅದು ಒಂದು ಗಂಟೆಯಾದರೂ ಎಪ್ಪತ್ತನ್ನು ದಾಟಲಿಲ್ಲ. ಪುಣೆಯ ಜನವರಿಯಲ್ಲಿ ಉತ್ತರದ ಕಿಟಕಿಯ ಆ ಕೋಣೆ 19 ಡಿಗ್ರಿ ಇತ್ತು. ಮೇ ತಿಂಗಳಲ್ಲಿ ಇದೇ ಕೆಲಸ ಬೇಗ ಮುಗಿಯಬಹುದು, ಆದರೆ ನಾನು ಗಡಿಯಾರವನ್ನು ಚಳಿಗಾಲಕ್ಕೇ ಹೊಂದಿಸಿಡುತ್ತೇನೆ: ಪೂರಾ ಒಂದು ಗಂಟೆ.

ಇನ್ನೇನು ಮಾದರಿ ಅಳೆಯಬೇಕು ಎನ್ನುವಷ್ಟರಲ್ಲಿ ಎಲ್ಲ ಸಂಕೇತಗಳೂ ಇಳಿಯತೊಡಗಿದವು, ಮೂರರ ಮಾನಕವೂ ಸೇರಿ. ಹಾಗೆ ಎಲ್ಲವೂ ಒಟ್ಟಿಗೆ ಇಳಿದರೆ ಅನುಮಾನ ಬೋರೋಹೈಡ್ರೈಡಿನ ಮೇಲೆ. ಬೆಳಿಗ್ಗೆ ಆತುರದಲ್ಲಿ ಅದನ್ನು ಬರಿಯ ನೀರಿನಲ್ಲಿ ಕರಗಿಸಿ ಆಮೇಲೆ ಕ್ಷಾರ ಹಾಕಿದ್ದೆ. ಕ್ರಮ ತಿರುಗಮುರುಗ. ಕ್ಷಾರವಿಲ್ಲದ ನೀರಿನಲ್ಲಿ ಅದು ಹೈಡ್ರೋಜನ್ ಬಿಡುತ್ತಾ ತಾನೇ ಸವೆಯುತ್ತದೆ. 200 ಮಿಲಿಲೀಟರ್ ನೀರಿಗೆ ಮೊದಲು 1 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್, ಅದು ಕರಗಿದ ಮೇಲೆ 1.2 ಗ್ರಾಂ ಬೋರೋಹೈಡ್ರೈಡ್, ಅಂದರೆ ಶೇ. 0.6. ಮುಚ್ಚಳ ಬಿಗಿಯುವಂತಿಲ್ಲ, ನಾಳೆಗೆ ಉಳಿಸುವಂತಿಲ್ಲ. ಹೊಸದು ಮಾಡಿಟ್ಟಾಗ ಸಂಕೇತ ಮರಳಿತು, ಆದರೆ ಐದು ಗಂಟೆಯಾಗಿತ್ತು. ಕಾವಲುಗಾರ ಬೀಗದ ಕೈ ಅಲ್ಲಾಡಿಸಿದ.

ನಾಲ್ಕನೆಯ ಶನಿವಾರ

ಇವತ್ತು ಎಲ್ಲ ಸರಾಗ. ಬೋರೋಹೈಡ್ರೈಡ್ ಸರಿಯಾದ ಕ್ರಮದಲ್ಲಿ, ಫ್ಲಾಸ್ಕುಗಳಲ್ಲಿ 12.5 ಮಿಲಿಲೀಟರ್ ಆಮ್ಲ, ಒಂದು ಗಂಟೆ ಕಾಯುವಿಕೆ. ರೇಖೆಯಲ್ಲಿ ಈ ಸಲ ಒಂದು ಐದರ ಮಾನಕವನ್ನೂ ಕಾವಲಿಗೆ ಇಟ್ಟೆ. ಅದು ಮೂರರ ರೇಖೆಯ ಮೇಲೆಯೇ ಕುಳಿತರೆ ಮಾತ್ರ ಮುಂದಿನ ಅಂಕಿಗಳಿಗೆ ಬೆಲೆ. ಕುಳಿತಿತು.

ಊರಿನ ನೀರು: ಫ್ಲಾಸ್ಕಿನಲ್ಲಿ 10.4. ಐದರದ್ದು 5 ಸೇರಿಸಿದ ಫ್ಲಾಸ್ಕ್ 15.2, ಶೇ. 96 ಮರಳಿದೆ. ಎರಡರಿಂದ ಗುಣಿಸಿದರೆ ಮೂಲ ನೀರಿನಲ್ಲಿ 21 ಮೈಕ್ರೋಗ್ರಾಂ. ಎರಡನೆಯ ಬಾಟಲಿಯೂ 20ರ ಆಸುಪಾಸಿನಲ್ಲೇ. ನಮ್ಮ ಮನೆಯ ನಲ್ಲಿಯ ನೀರಿನಲ್ಲಿ ಖಾಲಿ ದ್ರಾವಣಕ್ಕಿಂತ ಬೇರೆಯೆನಿಸುವಷ್ಟು ಏನೂ ಕಾಣಲಿಲ್ಲ.

ಮೊದಲ ವಾರದ 9ನ್ನು 0.44ರಿಂದ ಭಾಗಿಸಿದರೆ 20.5 ಬರುತ್ತದೆ. ಊರಿನ ನೀರಿನ ಆರ್ಸೆನಿಕ್ ಹೆಚ್ಚುಕಡಿಮೆ ಎಲ್ಲವೂ ಐದರ ಸ್ಥಿತಿಯಲ್ಲಿದ್ದುದರಿಂದ ಲೆಕ್ಕ ಹೀಗೆ ಕೂಡಿತು. ಹಾಗಂತ ಆ ಭಾಗಾಕಾರವನ್ನೇ ಫಲಿತಾಂಶವೆಂದು ಕೊಡಲಾಗದು; ಅರ್ಧ ಮೂರರದ್ದು ಇರುವ ನೀರಿನಲ್ಲಿ ಅದು ವಿಪರೀತ ಸುಳ್ಳು ಹೇಳುತ್ತದೆ.

ಸಂಜೆ ಭಾವನವರಿಗೆ ಫೋನ್ ಮಾಡಿ, ಮಿತಿಯ ಎರಡು ಪಟ್ಟು ಇದೆ, ಕುಡಿಯಲು ಮತ್ತು ಅಡುಗೆಗೆ ಆ ಬೋರ್ ಬೇಡ, ಕುದಿಸಿದರೂ ಹೋಗುವುದಿಲ್ಲ ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಶಾಲೆಯ ಹತ್ತಿರದ ಕೈಪಂಪಿನದೂ ನೋಡುತ್ತೀಯಾ?" ಎಂದರು. ಆಮ್ಲ ಹಾಕಿದ ನಾಲ್ಕು ಬಾಟಲಿಗಳನ್ನು ನಾಳೆಯ ಬಸ್ಸಿಗೆ ಕೊಡುತ್ತಿದ್ದೇನೆ. ಒಂದು ಕೈಪಂಪಿಗೆ, ಒಂದು ಪಕ್ಕದ ಹೊಲಕ್ಕೆ, ಎರಡು ಅವರ ಮನೆಯ ಆರ್‌ಒ ಯಂತ್ರದ ಒಳಗೆ ಹೋಗುವ ಮತ್ತು ಹೊರಗೆ ಬರುವ ನೀರಿಗೆ.